ಹಾಸ್ಟೆಲ್ ಕರೆಂಟ್ ಬಿಲ್ಲು: ನಂಬಿಕೆ ಒಂದು, ಮೀಟರ್ ಹೇಳುವುದು ಇನ್ನೊಂದು

ಕಟ್ಟಡವೊಂದಕ್ಕೆ ಬಂದ ಕರೆಂಟು ಎಲ್ಲೆಲ್ಲಿ ಎಷ್ಟೆಷ್ಟು ಖರ್ಚಾಯಿತೆಂದು ಪತ್ತೆ ಹಚ್ಚಿ, ಎಲ್ಲಿ ಎಷ್ಟು ಹಣ ಹಾಕಿದರೆ ಅದು ಎಷ್ಟು ಇಳಿಯುತ್ತದೆಂದು ತೋರಿಸುವ ಕೆಲಸಕ್ಕೆ ವಿದ್ಯುತ್ ಲೆಕ್ಕಪರಿಶೋಧನೆ ಎನ್ನುತ್ತಾರೆ. 2001ರ ಇಂಧನ ಸಂರಕ್ಷಣಾ ಕಾಯ್ದೆ ಕೊಡುವ ವ್ಯಾಖ್ಯೆಯಲ್ಲಿಯೂ ಬಳಕೆಯ ಪರಿಶೀಲನೆಯ ಜೊತೆಗೆ ವೆಚ್ಚ-ಲಾಭದ ಲೆಕ್ಕ ಸೇರಿದೆ. ಕಾಲೇಜು ಹಾಸ್ಟೆಲುಗಳಲ್ಲಿ ಈ ಲೆಕ್ಕ ಎಡವುವುದು ಗಣಿತದಲ್ಲಲ್ಲ, ಗಣಿತಕ್ಕೆ ಮುಂಚೆಯೇ ಮನಸ್ಸಿನಲ್ಲಿ ಕುಳಿತಿರುವ ಕೆಲವು ನಂಬಿಕೆಗಳಿಂದ. ಅವನ್ನು ಪರೀಕ್ಷಿಸಲು ಇಲ್ಲಿ ಒಂದು ಮಾದರಿ ಹಾಸ್ಟೆಲನ್ನು ಇಟ್ಟುಕೊಳ್ಳಲಾಗಿದೆ. ಅದರಲ್ಲಿ 60 ಕೊಠಡಿಗಳು, ಕೊಠಡಿಗೆ ಮೂವರಂತೆ 180 ವಿದ್ಯಾರ್ಥಿಗಳು. ವರ್ಷಕ್ಕೆ 300 ದಿನ ವಾಸ, ಉಳಿದದ್ದು ರಜೆ. ಯೂನಿಟ್ಟಿಗೆ ₹8 ಎಂದು ಹಿಡಿದಿದೆ. ದರವೂ ಸಾಮಾನಿನ ಬೆಲೆಗಳೂ ಲೆಕ್ಕಕ್ಕಾಗಿ ಇಟ್ಟುಕೊಂಡವು. ಬೇರೆ ಹಾಸ್ಟೆಲಿನವರು ತಮ್ಮ ಬಿಲ್ಲಿನ ದರ, ತಮ್ಮ ಊರಿನ ಬೆಲೆ ಹಾಕಿಕೊಳ್ಳಬೇಕು.

ತಪ್ಪು ಕಲ್ಪನೆ: ಹಾಸ್ಟೆಲಿನ ಬಿಲ್ಲು ತಿನ್ನುವುದು ಗೀಸರ್

ಒಂದು ಗೀಸರ್ 2000 ವಾಟ್, ಒಂದು ಹಳೆಯ ಸೀಲಿಂಗ್ ಫ್ಯಾನ್ 75 ವಾಟ್. ಈ ಎರಡು ಅಂಕಿಗಳನ್ನು ಅಕ್ಕಪಕ್ಕ ಇಟ್ಟು ನೋಡಿದವರಿಗೆ ಅಪರಾಧಿ ಯಾರೆಂಬ ಅನುಮಾನವೇ ಉಳಿಯುವುದಿಲ್ಲ. ಆದರೆ ಮೀಟರ್ ಎಣಿಸುವುದು ವಾಟನ್ನು ಗಂಟೆಯಿಂದ ಗುಣಿಸಿದ ಮೊತ್ತವನ್ನು. 1000 ವಾಟಿನ ಉಪಕರಣ ಒಂದು ಗಂಟೆ ಉರಿದರೆ ಒಂದು ಯೂನಿಟ್; 50 ವಾಟಿನ ಟ್ಯೂಬ್‌ಲೈಟ್ 20 ಗಂಟೆ ಉರಿದರೂ ಅದೇ ಒಂದು ಯೂನಿಟ್. ಕೊಠಡಿಗೆ ಎರಡರಂತೆ 120 ಫ್ಯಾನುಗಳಿವೆ. ಚಳಿಗಾಲ, ಬೇಸಿಗೆ ಸೇರಿಸಿ ದಿನಕ್ಕೆ ಸರಾಸರಿ 10 ಗಂಟೆ ತಿರುಗುತ್ತವೆ ಎಂದರೆ 9 ಕಿಲೋವಾಟ್, 10 ಗಂಟೆ, 300 ದಿನ: ವರ್ಷಕ್ಕೆ 27,000 ಯೂನಿಟ್. ಇಡೀ ಪಟ್ಟಿ ಹೀಗೆ ಬರುತ್ತದೆ:

| ಉಪಕರಣ | ಒಟ್ಟು ಭಾರ (ಕಿಲೋವಾಟ್) | ವರ್ಷಕ್ಕೆ ಯೂನಿಟ್ |
|---|---|---|
| ಫ್ಯಾನ್, 120 | 9 | 27,000 |
| ಗೀಸರ್, 12 | 24 | 18,000 |
| ಕೊಠಡಿಯ ಟ್ಯೂಬ್‌ಲೈಟ್, 120 (ದಿನಕ್ಕೆ 6 ಗಂಟೆ) | 6 | 10,800 |
| ಕಾರಿಡಾರ್, ಮೆಟ್ಟಿಲು, ಬಚ್ಚಲಿನ ಟ್ಯೂಬ್, 40 (12 ಗಂಟೆ) | 2 | 7,200 |
| ಲ್ಯಾಪ್‌ಟಾಪ್, ಮೊಬೈಲ್ | – | 6,750 |
| ಬೋರ್‌ವೆಲ್ ಪಂಪು, 5 ಎಚ್‌ಪಿ (4 ಗಂಟೆ) | 4.7 | 5,640 |
| ಮೆಸ್ಸಿನ ಫ್ರಿಜ್, ಗ್ರೈಂಡರ್ ಇತ್ಯಾದಿ | – | 3,000 |
| ಒಟ್ಟು | | 78,390 |

ಟ್ಯೂಬ್‌ಲೈಟಿಗೆ 50 ವಾಟ್ ಹಿಡಿದದ್ದು ಏಕೆಂದರೆ 40 ವಾಟಿನ ಹಳೆಯ ಟ್ಯೂಬಿನ ಜೊತೆ ಅದರ ಚೋಕ್ ಕೂಡ ಸುಮಾರು 10 ವಾಟ್ ತಿನ್ನುತ್ತದೆ. ಹಾಗೆಂದು ಗೀಸರನ್ನು ಪೂರ್ತಿ ನಿರಪರಾಧಿ ಎನ್ನುವಂತಿಲ್ಲ. ಬೆಳಗಿನ ಹೊತ್ತು ಹನ್ನೆರಡೂ ಒಟ್ಟಿಗೆ ಉರಿದರೆ 24 ಕಿಲೋವಾಟ್ ಭಾರ ಒಮ್ಮೆಲೇ ಬೀಳುತ್ತದೆ. ಕಟ್ಟಡಕ್ಕೆ ಎಷ್ಟು ಕಿಲೋವಾಟ್ ಮಂಜೂರಾಗಬೇಕು, ಅದರ ಮೇಲೆ ತಿಂಗಳ ನಿಗದಿತ ಶುಲ್ಕ ಎಷ್ಟು ಎಂಬುದನ್ನು ಗೀಸರೇ ತೀರ್ಮಾನಿಸುತ್ತದೆ. ಯೂನಿಟ್ಟಿನ ಲೆಕ್ಕದಲ್ಲಿ ಮಾತ್ರ ಅದಕ್ಕೆ ಎರಡನೆಯ ಸ್ಥಾನ.

ತಪ್ಪು ಕಲ್ಪನೆ: ಉಪಕರಣದ ಮೇಲೆ ಬರೆದ ವಾಟನ್ನು ಸ್ವಿಚ್ ಹಾಕಿದ ಗಂಟೆಗಳಿಂದ ಗುಣಿಸಿದರೆ ಬಳಕೆ ಸಿಗುತ್ತದೆ

ಬಲ್ಬು, ಫ್ಯಾನುಗಳಿಗೆ ಈ ಸೂತ್ರ ಒಪ್ಪುತ್ತದೆ. ತನ್ನಷ್ಟಕ್ಕೆ ತಾನೇ ನಿಂತು ಮತ್ತೆ ಶುರುವಾಗುವ ಉಪಕರಣಗಳಿಗೆ ಒಪ್ಪುವುದಿಲ್ಲ. ಗೀಸರುಗಳ ಸ್ವಿಚ್ಚು ಬೆಳಿಗ್ಗೆ 5ರಿಂದ 9ರವರೆಗೆ ಹಾಕಿರುತ್ತದೆ. ಆ ಲೆಕ್ಕದಂತೆ 24 ಕಿಲೋವಾಟ್, 4 ಗಂಟೆ, 300 ದಿನ ಗುಣಿಸಿದರೆ 28,800 ಯೂನಿಟ್ ಬರುತ್ತದೆ. ಆದರೆ ನೀರು ಕಾದ ಕೂಡಲೇ ಥರ್ಮೋಸ್ಟಾಟ್ ಕರೆಂಟನ್ನು ಕಡಿಯುತ್ತದೆ. ನಿಜವಾದ ಬಳಕೆಯನ್ನು ನೀರಿನಿಂದಲೇ ಅಳೆಯಬಹುದು. 15 ಲೀಟರಿನ ಒಂದು ಬಕೆಟ್ ನೀರನ್ನು 22ರಿಂದ 40 ಡಿಗ್ರಿಗೆ ಏರಿಸಲು 270 ಕಿಲೋಕ್ಯಾಲರಿ ಶಾಖ ಬೇಕು. ಒಂದು ಯೂನಿಟ್ ಕರೆಂಟು 860 ಕಿಲೋಕ್ಯಾಲರಿಗೆ ಸಮ. ಅಂದರೆ ಬಕೆಟ್ಟಿಗೆ ಹೆಚ್ಚುಕಡಿಮೆ 0.31 ಯೂನಿಟ್. ದಿನಕ್ಕೆ 160 ಮಂದಿ ಬಿಸಿನೀರಿನ ಸ್ನಾನ ಮಾಡಿದರೆ 50 ಯೂನಿಟ್. ಟ್ಯಾಂಕು, ಪೈಪುಗಳಲ್ಲಿ ಆರಿಹೋಗುವ ಶಾಖಕ್ಕೆಂದು ಇನ್ನೊಂದು ಹತ್ತು ಸೇರಿಸಿದರೆ 60. ವರ್ಷಕ್ಕೆ 18,000. ಗೀಸರ್ ಲೈನಿಗೆ ಒಂದು ಸಬ್‌ಮೀಟರ್ ಕೂರಿಸಿ ವಾರದ ಮಟ್ಟಿಗೆ ಓದಿದರೆ ಈ ಲೆಕ್ಕ ಸರಿಯೋ ತಪ್ಪೋ ಗೊತ್ತಾಗುತ್ತದೆ. ಫ್ರಿಜ್ಜಿಗೂ ಇದೇ ಕ್ರಮ.

ಮೋಟರಿನ ವಿಷಯದಲ್ಲಿ ತಪ್ಪು ಎದುರು ದಿಕ್ಕಿಗೆ ಆಗುತ್ತದೆ. 5 ಎಚ್‌ಪಿ ಎಂದರೆ ಮೋಟರ್ ಹೊರಗೆ ಕೊಡುವ ಶಕ್ತಿ, 3.73 ಕಿಲೋವಾಟ್. ಅದರ ದಕ್ಷತೆ ಶೇಕಡಾ 80 ಇದ್ದರೆ ಒಳಗೆ ಎಳೆಯುವುದು 4.7 ಕಿಲೋವಾಟ್. ಎಚ್‌ಪಿಯನ್ನು 746ರಿಂದ ಗುಣಿಸಿ ಅಲ್ಲಿಗೇ ನಿಲ್ಲಿಸಿದ ಪಟ್ಟಿಗಳಲ್ಲಿ ಪಂಪಿನ ಬಳಕೆ ಕಡಿಮೆ ಕಾಣುತ್ತದೆ.

ಪಟ್ಟಿ ಸಿದ್ಧವಾದ ಮೇಲೆ ಅದನ್ನು ಬಿಲ್ಲಿಗೆ ಹೊಂದಿಸಿ ನೋಡುವುದೇ ಪರಿಶೋಧನೆಯ ನಿಜವಾದ ಪರೀಕ್ಷೆ. ಮಾದರಿ ಹಾಸ್ಟೆಲಿನ ಹನ್ನೆರಡು ತಿಂಗಳ ಬಿಲ್ಲು 84,500 ಯೂನಿಟ್ ತೋರಿಸುತ್ತದೆ ಎನ್ನೋಣ. ಪಟ್ಟಿಗಿಂತ 6,110 ಯೂನಿಟ್ ಹೆಚ್ಚು. ರಜೆಯ ತಿಂಗಳುಗಳ ಬಿಲ್ಲನ್ನು ಬೇರೆ ತೆಗೆದು ನೋಡಿದರೆ ಅದರಲ್ಲಿ 2,000ದಷ್ಟು ಸಿಗುತ್ತದೆ: ಖಾಲಿ ಕಟ್ಟಡದಲ್ಲೂ ಓಡುವ ಫ್ರಿಜ್ಜು, ಯಾರೂ ಆರಿಸದ ಕಾರಿಡಾರ್ ದೀಪಗಳು. ಉಳಿದ 4,100 ಯೂನಿಟ್ ಯಾವುದೇ ಪಟ್ಟಿಯಲ್ಲಿ ಸಿಗುವಂಥದ್ದಲ್ಲ. ಅದು ಮಂಚದ ಕೆಳಗಿನ ವಾಟರ್ ಹೀಟರ್ ರಾಡು, ಇಸ್ತ್ರಿ ಪೆಟ್ಟಿಗೆ, ಕೆಟಲು. 1500 ವಾಟಿನ 18 ರಾಡುಗಳು ದಿನಕ್ಕೆ ಮುಕ್ಕಾಲು ಗಂಟೆ ಉರಿದರೆ ವರ್ಷಕ್ಕೆ 6,000 ದಾಟುತ್ತದೆ. ಅರ್ಧ ಗಂಟೆ ಉರಿದರೆ 4,050. ವಾರ್ಡನ್ ಎದುರು ಹಿಡಿದ ಪಟ್ಟಿಯಲ್ಲಿ ರಾಡು ಎಂದೂ ಬರುವುದಿಲ್ಲ, ಬೆಳಗಿನ 5ಕ್ಕೂ 9ಕ್ಕೂ ಬರೆದಿಟ್ಟ ಮೀಟರ್ ಓದಿನಲ್ಲಿ ತಪ್ಪದೆ ಬರುತ್ತದೆ.

ತಪ್ಪು ಕಲ್ಪನೆ: ಸಾಕೆಟ್ಟಿನಲ್ಲಿ ಬಿಟ್ಟ ಚಾರ್ಜರುಗಳೇ ಗುಟ್ಟಾಗಿ ಕರೆಂಟ್ ಹೀರುತ್ತವೆ

ಈಗಿನ ಮೊಬೈಲ್ ಚಾರ್ಜರ್ ಫೋನಿಲ್ಲದೆ ಸುಮ್ಮನೆ ಕುಳಿತಾಗ ಎಳೆಯುವುದು ಒಂದು ವಾಟಿನ ಸಣ್ಣ ಪಾಲು. ತಲಾ 0.2 ವಾಟ್ ಎಂದು ಹಿಡಿದು 180 ಚಾರ್ಜರುಗಳನ್ನು ದಿನಕ್ಕೆ 20 ಗಂಟೆ ಹಾಗೇ ಬಿಟ್ಟರೂ ವರ್ಷಕ್ಕೆ 216 ಯೂನಿಟ್. ಕಾರಿಡಾರಿನ ಒಂದೇ ಒಂದು ಹಳೆಯ ಟ್ಯೂಬ್ 180 ಯೂನಿಟ್ ತಿನ್ನುತ್ತದೆ. ಪ್ರತಿ ಸಾಕೆಟ್ಟಿನ ಪಕ್ಕ ಎಚ್ಚರಿಕೆಯ ಚೀಟಿ ಅಂಟಿಸುವ ಶ್ರಮಕ್ಕಿಂತ ಕಾರಿಡಾರಿನ ಎರಡು ಟ್ಯೂಬು ಬದಲಿಸುವುದು ಸುಲಭ.

ತಪ್ಪು ಕಲ್ಪನೆ: ‘ಪವರ್ ಸೇವರ್’ ಡಬ್ಬಿ ಸಿಕ್ಕಿಸಿದರೆ ಬಿಲ್ಲು ಇಳಿಯುತ್ತದೆ

ಅದರೊಳಗೆ ಸಾಮಾನ್ಯವಾಗಿ ಇರುವುದು ಒಂದು ಕೆಪಾಸಿಟರ್. ತಂತಿಯಲ್ಲಿ ಹರಿಯುವ ಪ್ರವಾಹವನ್ನು ಅದು ಒಂದಿಷ್ಟು ತಗ್ಗಿಸಬಹುದು. ಆದರೆ ಯೂನಿಟ್ ಎಣಿಸುವ ಮೀಟರ್ ನಿಜವಾಗಿ ಕೆಲಸಕ್ಕೆ ಬಂದ ಶಕ್ತಿಯನ್ನಷ್ಟೇ ಲೆಕ್ಕ ಹಾಕುವುದರಿಂದ ಯೂನಿಟ್ ಬದಲಾಗುವುದಿಲ್ಲ. ಪವರ್ ಫ್ಯಾಕ್ಟರ್ ಕಡಿಮೆಯಾದರೆ ದಂಡ ಬೀಳುವ ದೊಡ್ಡ ಸಂಪರ್ಕಗಳಲ್ಲಿ ಮುಖ್ಯ ಫಲಕದ ಬಳಿ ಅಳತೆ ನೋಡಿ ಕೂರಿಸುವ ಕೆಪಾಸಿಟರಿನ ವಿಚಾರ ಬೇರೆ.

ತಪ್ಪು ಕಲ್ಪನೆ: ಒಳ್ಳೆಯ ಉಪಕರಣ ಎಲ್ಲಿ ಹಾಕಿದರೂ ಅಷ್ಟೇ ಬೇಗ ಹಣ ಮರಳಿಸುತ್ತದೆ

ಹೂಡಿದ ಹಣವನ್ನು ವರ್ಷದ ಉಳಿತಾಯದಿಂದ ಭಾಗಿಸಿದರೆ ಹಣ ಮರಳುವ ಅವಧಿ ಸಿಗುತ್ತದೆ. ಭಾಗಿಸುವ ಈ ಉಳಿತಾಯ ಬಳಕೆಯ ಗಂಟೆಗಳ ಮೇಲೆ ನಿಂತಿದೆ. 20 ವಾಟಿನ ಎಲ್‌ಇಡಿ ಟ್ಯೂಬಿಗೆ ಕೂಲಿ ಸೇರಿ ₹300 ಎಂದುಕೊಂಡರೆ, ಕಾರಿಡಾರಿನ 40 ಟ್ಯೂಬಿಗೆ ₹12,000. ತಲಾ 30 ವಾಟಿನಂತೆ ವರ್ಷಕ್ಕೆ ಉಳಿಯುವುದು 4,320 ಯೂನಿಟ್, ₹34,560. ನಾಲ್ಕೇ ತಿಂಗಳಲ್ಲಿ ಹಣ ವಾಪಸ್ಸು. ಅದೇ ಟ್ಯೂಬು ಕೊಠಡಿಯಲ್ಲಿ ದಿನಕ್ಕೆ ಅರ್ಧದಷ್ಟು ಹೊತ್ತು ಉರಿಯುವುದರಿಂದ ಎಂಟು ತಿಂಗಳು ಬೇಕು: ₹36,000 ಹೂಡಿಕೆ, ₹51,840 ಉಳಿತಾಯ. ಕಾರಿಡಾರಿನಿಂದ ಶುರು ಮಾಡಿದರೆ ಅದರ ಮೊದಲ ವರ್ಷದ ಉಳಿತಾಯವೇ ಕೊಠಡಿಗಳ ಟ್ಯೂಬಿಗೆ ಬಹುಪಾಲು ಸಾಲುತ್ತದೆ.

ಫ್ಯಾನಿನ ಲೆಕ್ಕಕ್ಕೆ ಹೆಚ್ಚು ಎಚ್ಚರ ಬೇಕು. ಬಿಎಲ್‌ಡಿಸಿ ಫ್ಯಾನು ಪೂರ್ಣ ವೇಗದಲ್ಲಿ 30 ವಾಟಿನ ಆಸುಪಾಸಿನಲ್ಲಿ ಓಡುತ್ತದೆ. ₹3,000ದ ಒಂದು ಫ್ಯಾನಿನಿಂದ ವರ್ಷಕ್ಕೆ 135 ಯೂನಿಟ್, ₹1,080 ಉಳಿದು, ಎರಡು ವರ್ಷ ಒಂಬತ್ತು ತಿಂಗಳಲ್ಲಿ ಹಣ ಮರಳುತ್ತದೆ. ಆದರೆ ಎಲ್ಲರೂ ಸದಾ ಪೂರ್ಣ ವೇಗದಲ್ಲಿ ಓಡಿಸುವುದಿಲ್ಲ. ವೇಗ ಇಳಿಸಿದರೂ ಕರೆಂಟ್ ಉಳಿಯದು ಎಂಬ ಮಾತು ಬಿಸಿಯಾಗುವ ಹಳೆಯ ದೊಡ್ಡ ರೆಗ್ಯುಲೇಟರುಗಳ ಕಾಲದ್ದು. ಎಲೆಕ್ಟ್ರಾನಿಕ್ ರೆಗ್ಯುಲೇಟರ್ ಇದ್ದಲ್ಲಿ ಹಳೆಯ ಫ್ಯಾನೂ ಕಡಿಮೆ ವೇಗದಲ್ಲಿ ಕಡಿಮೆಯನ್ನೇ ಎಳೆಯುತ್ತದೆ. ಹಾಗಾಗಿ ಸರಾಸರಿ ಉಳಿತಾಯ 45 ವಾಟಿನ ಬದಲು 35 ಎಂದು ಹಿಡಿಯುವುದು ಕ್ಷೇಮ. ಆಗ 120 ಫ್ಯಾನುಗಳ ₹3,60,000 ಮರಳಲು ಮೂರೂವರೆ ವರ್ಷ ದಾಟುತ್ತದೆ. ಅತಿಥಿ ಕೊಠಡಿಯಲ್ಲಿ ವರ್ಷಕ್ಕೆ 120 ಗಂಟೆ ಮಾತ್ರ ತಿರುಗುವ ಫ್ಯಾನನ್ನು ಬದಲಿಸಿದರೆ 45 ವಾಟ್ ಉಳಿದರೂ ವರ್ಷಕ್ಕೆ ₹43. ಹಣ ಮರಳಲು 70 ವರ್ಷ. ಸುಟ್ಟುಹೋದ ಫ್ಯಾನಿನ ಜಾಗಕ್ಕೆ ಹೇಗೂ ಹೊಸದು ಬೇಕಾದಾಗ ಲೆಕ್ಕ ಮತ್ತೆ ಬದಲಾಗುತ್ತದೆ. ಸಾಧಾರಣ ಫ್ಯಾನಿಗೆ ₹1,600 ಕೊಡಲೇಬೇಕಿತ್ತು, ಹೆಚ್ಚುವರಿ ಹೂಡಿಕೆ ₹1,400 ಮಾತ್ರ. 35 ವಾಟಿನ ಲೆಕ್ಕದಲ್ಲಿಯೂ ಅದು 20 ತಿಂಗಳಲ್ಲಿ ತೀರುತ್ತದೆ.

ಗೀಸರಿನ ಬದಲು ಸೋಲಾರ್ ವಾಟರ್ ಹೀಟರ್ ಹಾಕುವ ಪ್ರಸ್ತಾವದಲ್ಲಿ ಪಟ್ಟಿಯ ತಪ್ಪು ದುಬಾರಿಯಾಗುತ್ತದೆ. 160 ಮಂದಿಯ ನೀರಿಗೆ 1,500 ಲೀಟರಿನ ವ್ಯವಸ್ಥೆ ಸಾಕು. ಅದಕ್ಕೆ ₹3,00,000 ಎನ್ನೋಣ. ಸ್ವಿಚ್ಚಿನ ಗಂಟೆ ನೋಡಿ ಬರೆದ 28,800 ಯೂನಿಟ್ ಪೂರ್ತಿ ಉಳಿಯುತ್ತದೆಂದು ನಂಬಿದರೆ ಒಂದು ವರ್ಷ ನಾಲ್ಕು ತಿಂಗಳಲ್ಲಿ ಹಣ ಮರಳುವಂತೆ ಕಾಣುತ್ತದೆ. ನಿಜವಾದ ಬಳಕೆ 18,000. ಮಳೆಗಾಲದ ಮೋಡದ ದಿನಗಳಲ್ಲಿ ಗೀಸರನ್ನೇ ಹಾಕಬೇಕಾಗುವುದರಿಂದ ಅದರಲ್ಲಿ ಶೇಕಡಾ 70 ಉಳಿಯಿತೆಂದರೆ 12,600 ಯೂನಿಟ್, ₹1,00,800. ಅವಧಿ ಮೂರು ವರ್ಷಕ್ಕೆ ಏರುತ್ತದೆ.

ತಪ್ಪು ಕಲ್ಪನೆ: ಎಲ್ಲ ಉಳಿತಾಯಗಳನ್ನು ಕೂಡಿಸಿದರೆ ಒಟ್ಟು ಉಳಿತಾಯ

ಬೇರೆ ಬೇರೆ ಉಪಕರಣಗಳಾದರೆ ಕೂಡಿಸಬಹುದು: ದೀಪ, ಫ್ಯಾನ್, ಸೋಲಾರ್ ಸೇರಿ ಇಲ್ಲಿ 36,000 ಯೂನಿಟ್. ಒಂದೇ ಉಪಕರಣದ ಮೇಲೆ ಎರಡು ಕ್ರಮ ಹೂಡಿದಾಗ ಕೂಡಿಸಬಾರದು. ಗೀಸರಿಗೆ ಟೈಮರ್ ಹಾಕಿದರೆ ಶೇಕಡಾ 10 ಉಳಿಯುತ್ತದೆಂದರೆ ಇಂದು ಅದು 1,800 ಯೂನಿಟ್. ಸೋಲಾರ್ ಬಂದ ಮೇಲೆ ಗೀಸರಿನ ಪಾಲಿಗೆ ಉಳಿಯುವುದೇ 5,400. ಟೈಮರಿನ ಉಳಿತಾಯ 540ಕ್ಕೆ ಇಳಿಯುತ್ತದೆ. ಬದಲಾವಣೆಗಳಾದ ಮೇಲೆ ಫಲಿತಾಂಶ ಅಳೆಯುವಾಗ ಕಳೆದ ವರ್ಷದ ಅದೇ ತಿಂಗಳ ಬಿಲ್ಲನ್ನು ಆಗಿನ ಮತ್ತು ಈಗಿನ ವಿದ್ಯಾರ್ಥಿಗಳ ಸಂಖ್ಯೆಯಿಂದ ಭಾಗಿಸಿ ಹೋಲಿಸಬೇಕು. 20 ಮಂದಿ ಹೆಚ್ಚಿಗೆ ಸೇರಿದ ವರ್ಷ ಒಟ್ಟು ಬಿಲ್ಲು ಅಷ್ಟಾಗಿ ಇಳಿಯದಿದ್ದರೂ ತಲಾ ಯೂನಿಟ್ ಇಳಿದಿರಬಹುದು.