ರಕ್ತ ಕಾಣುವ ಮೂರು ವಾರ ಮೊದಲು: ಮರಿ, ಕರುಗಳ ಕಾಕ್ಸಿಡಿಯೋಸಿಸ್

ಕಾಕ್ಸಿಡಿಯೋಸಿಸ್ ಎಳೆಯ ಜಾನುವಾರುಗಳ ಕರುಳಿನ ಕಾಯಿಲೆ. ಐಮೇರಿಯ ಎಂಬ ಏಕಕೋಶಜೀವಿ ಕರುಳಿನ ಒಳಪದರದ ಕೋಶಗಳೊಳಗೆ ಸೇರಿ, ಅಲ್ಲೇ ವೃದ್ಧಿಯಾಗಿ, ಆ ಕೋಶಗಳನ್ನು ಒಡೆದು ಹೊರಬರುವುದರಿಂದ ಇದು ಬರುತ್ತದೆ. ಆಡಿನ ಮರಿಗಳಲ್ಲಿ ಸುಮಾರು 3 ವಾರದಿಂದ 5 ತಿಂಗಳ ನಡುವೆ, ಕರುಗಳಲ್ಲಿ 3 ವಾರದಿಂದ 6 ತಿಂಗಳ ನಡುವೆ ಹೆಚ್ಚಾಗಿ ಕಾಣಿಸಿಕೊಳ್ಳುತ್ತದೆ. ಒಂದು ವರ್ಷದ ಹೋರಿಗರುವಿಗೂ ಬಂದದ್ದುಂಟು. ಹುಟ್ಟಿದ ಮೊದಲ ವಾರದಲ್ಲೇ ಭೇದಿಯಾದರೆ ಅದಕ್ಕೆ ಕಾರಣ ಬೇರೆ, ಏಕೆಂದರೆ ಈ ಜೀವಿಗೆ ಕರುಳಿನೊಳಗೆ ಬಲಿಯಲು ಅಷ್ಟು ದಿನ ಸಾಲದು. ಇದನ್ನು ಗುರುತಿಸುವುದಿರಲಿ, ತಡೆಯುವುದಿರಲಿ, ಎರಡೂ ನಿಂತಿರುವುದು ಈ ದಿನಗಳ ಲೆಕ್ಕದ ಮೇಲೆ.

ಸೋಂಕು ತಗಲಿದ ಪ್ರಾಣಿಯ ಹಿಕ್ಕೆ ಅಥವಾ ಸಗಣಿಯಲ್ಲಿ ಗಟ್ಟಿ ಕವಚದ ಸೂಕ್ಷ್ಮ ಕೋಶಗಳು ಹೊರಬೀಳುತ್ತವೆ. ಊಸಿಸ್ಟ್ ಎಂದು ಕರೆಯುವ ಇವು ಬರಿಗಣ್ಣಿಗೆ ಕಾಣುವುದಿಲ್ಲ. ಹೊರಬಿದ್ದ ಕೂಡಲೇ ಇವುಗಳಿಂದ ಸೋಂಕು ತಗಲುವುದಿಲ್ಲ ಎಂಬುದು ಸಾಕಣೆದಾರರಿಗೆ ಬಹಳ ಉಪಯೋಗಕ್ಕೆ ಬರುವ ಸಂಗತಿ. ತೇವ, ಗಾಳಿ, ಬೆಚ್ಚನೆಯ ಹವೆ ಮೂರೂ ಸಿಕ್ಕರೆ ಎರಡು ಮೂರು ದಿನದಿಂದ ಒಂದು ವಾರದೊಳಗೆ ಅವು ನೆಲದ ಮೇಲೆಯೇ ಬಲಿಯುತ್ತವೆ. ಹೀಗೆ ಬಲಿತ ಒಂದೊಂದು ಊಸಿಸ್ಟಿನೊಳಗೂ ಎಂಟು ಬೀಜಾಣುಗಳಿರುತ್ತವೆ. ನೆರಳಿನ ತೇವದಲ್ಲಿ ಅವು ತಿಂಗಳುಗಟ್ಟಲೆ ಬದುಕಬಲ್ಲವು.

ಮರಿ ನೆಲ ನೆಕ್ಕುತ್ತದೆ, ಕೊಳೆಯಾದ ಕೆಚ್ಚಲಿಗೆ ಬಾಯಿ ಹಾಕುತ್ತದೆ, ನೆಲದ ಮೇಲೆ ಹರಡಿದ ಸೊಪ್ಪು ತಿನ್ನುತ್ತದೆ. ಬಲಿತ ಊಸಿಸ್ಟ್ ಹೀಗೆ ಹೊಟ್ಟೆ ಸೇರಿದ ಮೇಲೆ ಬೀಜಾಣುಗಳು ಬಿಡುಗಡೆಯಾಗಿ ಕರುಳಿನ ಕೋಶಗಳನ್ನು ಹೊಗುತ್ತವೆ. ಕರುಗಳನ್ನು ಕಾಡುವ ಐಮೇರಿಯ ಬೋವಿಸ್ ಪ್ರಭೇದದಲ್ಲಿ ಮೊದಲ ಸುತ್ತಿನಲ್ಲೇ ಒಂದೊಂದು ಬೀಜಾಣುವಿನಿಂದ ಒಂದು ಲಕ್ಷಕ್ಕೂ ಹೆಚ್ಚು ಮರಿಜೀವಿಗಳು ಹುಟ್ಟಬಲ್ಲವು. ಅವು ಮತ್ತೆ ಹೊಸ ಕೋಶಗಳಿಗೆ ನುಗ್ಗುತ್ತವೆ. ಈ ಎರಡನೆಯ ಸುತ್ತಿನ ವೃದ್ಧಿ ನಡೆಯುವುದು ಕುರುಡುಕರುಳು ಮತ್ತು ದೊಡ್ಡಕರುಳಿನಲ್ಲಿ. ಅದು ಮುಗಿಯುವ ಹೊತ್ತಿಗೆ ಒಳಪದರ ಕಿತ್ತುಬಂದು ರಕ್ತ ಸುರಿಯತೊಡಗುತ್ತದೆ. ಊಸಿಸ್ಟ್ ಹೊಟ್ಟೆ ಸೇರಿದಂದಿನಿಂದ ಇಲ್ಲಿಯವರೆಗೆ ಕರುಗಳಲ್ಲಿ ಹೆಚ್ಚುಕಡಿಮೆ 16ರಿಂದ 21 ದಿನ, ಆಡಿನ ಮರಿಗಳಲ್ಲಿ ಎರಡರಿಂದ ಮೂರು ವಾರ ಕಳೆದಿರುತ್ತದೆ. ಅಂದರೆ ಇಂದು ಕಾಣುವ ರಕ್ತಭೇದಿ ಎರಡು ಮೂರು ವಾರದ ಹಿಂದೆ ಕೊಟ್ಟಿಗೆ ಹೇಗಿತ್ತು ಎಂಬುದನ್ನು ಹೇಳುತ್ತದೆ.

ಕರುವಿನಲ್ಲಿ ರೋಗ ಗುರುತಿಸುವುದು ಅಷ್ಟು ಕಷ್ಟವಲ್ಲ. ದೊಡ್ಡಕರುಳಿಗೆ ಏಟು ಬೀಳುವುದರಿಂದ ಸಗಣಿಯಲ್ಲಿ ಕೆಂಪು ರಕ್ತ, ಹೆಪ್ಪುಗಟ್ಟಿದ ಚೂರುಗಳು, ಲೋಳೆ ನೇರವಾಗಿ ಕಾಣುತ್ತವೆ. ಕರು ಬಾಲ ಎತ್ತಿ, ಬೆನ್ನು ಗೂನು ಮಾಡಿ ಮತ್ತೆ ಮತ್ತೆ ಮುಕ್ಕರಿಯುತ್ತದೆ, ಆದರೆ ಬೀಳುವುದು ತುಸುವೇ. ಮುಕ್ಕರಿದು ಮುಕ್ಕರಿದು ಕೆಲವು ಕರುಗಳಲ್ಲಿ ಗುದನಾಳವೇ ಹೊರಬರುತ್ತದೆ. ಬಾಲದ ಬುಡ, ಹಿಂದೊಡೆ, ಹಿಮ್ಮಡಿಯ ಕೂದಲೆಲ್ಲ ರಕ್ತ ಬೆರೆತ ಸಗಣಿಯಿಂದ ಅಂಟಿಕೊಂಡಿರುತ್ತವೆ. ಜ್ವರ ಸಾಮಾನ್ಯವಾಗಿ ಇರುವುದಿಲ್ಲ, ಇದ್ದರೂ ಅಲ್ಪ.

ಆಡಿನ ಮರಿಯಲ್ಲಿ ರಕ್ತವನ್ನೇ ಕಾಯುತ್ತ ಕೂತರೆ ಮೋಸಹೋಗುವುದು ಖಂಡಿತ. ಮರಿಗಳಲ್ಲಿ ಹಾನಿಯ ಹೆಚ್ಚಿನ ಪಾಲು ಸಣ್ಣಕರುಳಿನಲ್ಲೇ ಆಗುವುದರಿಂದ ಭೇದಿ ಎಷ್ಟೋ ಸಲ ಕಂದು, ಹಸಿರುಗಪ್ಪು ಅಥವಾ ಹಳದಿ ಬಣ್ಣದ ನೀರಾಗಿರುತ್ತದೆ, ದುರ್ವಾಸನೆ ಬರುತ್ತದೆ, ರಕ್ತ ಇದ್ದರೂ ಇಲ್ಲದಿದ್ದರೂ ಆಯಿತು. ಗುಂಡಗಿನ ಗಟ್ಟಿ ಹಿಕ್ಕೆ ಒಂದಕ್ಕೊಂದು ಅಂಟಿಕೊಂಡು ಮುದ್ದೆಯಾಗುವುದು ಮೊದಲ ಸೂಚನೆ. ಅದರ ಬೆನ್ನಲ್ಲೇ ಮರಿ ಹಾಲಿಗೆ ಓಡಿಬರುವುದನ್ನು ಬಿಡುತ್ತದೆ, ಕೂದಲು ಒರಟಾಗಿ ನಿಲ್ಲುತ್ತದೆ, ಜೊತೆಯ ಮರಿಗಳು ಕುಣಿಯುವಾಗ ತಾನೊಂದೇ ಮೂಲೆಯಲ್ಲಿ ತಲೆ ತಗ್ಗಿಸಿ ನಿಲ್ಲುತ್ತದೆ. ಭೇದಿಯೇ ಆಗದೆ ಸತ್ತುಹೋಗುವ ಮರಿಗಳೂ ಇವೆ. ಬದುಕಿ ಉಳಿದವುಗಳಲ್ಲಿ ಕರುಳಿನ ಹೀರುವ ಶಕ್ತಿ ಕುಂದಿ, ತಿಂದದ್ದು ಮೈಗೆ ಹತ್ತದೆ, ತಿಂಗಳುಗಟ್ಟಲೆ ಬೆಳವಣಿಗೆ ಹಿಂದೆ ಬೀಳುತ್ತದೆ. ಸಾವಿಗಿಂತ ಈ ನಷ್ಟವೇ ದೊಡ್ಡದು, ಅದು ಯಾರ ಲೆಕ್ಕಕ್ಕೂ ಸಿಗುವುದಿಲ್ಲವಷ್ಟೆ.

ಇದೇ ಲಕ್ಷಣಗಳ ಹತ್ತಿರಕ್ಕೆ ಬರುವ ಬೇರೆ ಕಾಯಿಲೆಗಳಿವೆ. ದೊಡ್ಡ ಆಡುಗಳೂ ಮಲಗಿ, ಜ್ವರ ಏರಿ, ಮೂಗು ಕಣ್ಣು ಸೋರಿ, ಬಾಯಲ್ಲಿ ಹುಣ್ಣಾಗಿದ್ದರೆ ಅದು ಪಿಪಿಆರ್ ಇರಬಹುದು. ವಸಡು, ಕಣ್ಣಿನ ಒಳರೆಪ್ಪೆ ಬಿಳಿಚಿ ಗದ್ದದ ಕೆಳಗೆ ನೀರು ತುಂಬಿದ್ದರೆ ರಕ್ತ ಹೀರುವ ಜಠರದ ಹುಳುವಿನ ಕಡೆ ನೋಡಬೇಕು. ಜ್ವರದೊಂದಿಗೆ ರಕ್ತಭೇದಿ ಇದ್ದರೆ ಸಾಲ್ಮೊನೆಲ್ಲ ಸಂಶಯಕ್ಕೆ ಬರುತ್ತದೆ. ಅದು ಮನುಷ್ಯರಿಗೂ ಹರಡುವಂಥದ್ದಾದ್ದರಿಂದ ರೋಗದ ಮರಿ ಮುಟ್ಟಿದ ಕೈಯನ್ನು ಸೋಪಿನಿಂದ ತೊಳೆಯಲೇಬೇಕು. ಆಡು, ದನಗಳ ಐಮೇರಿಯ ಮಾತ್ರ ಮನುಷ್ಯರಿಗೆ ತಗಲುವುದಿಲ್ಲ. ಆಡಿನದು ಕರುವಿಗೆ, ಕರುವಿನದು ಆಡಿಗೆ, ಕೋಳಿಯದು ಇವೆರಡಕ್ಕೂ ಬರುವುದಿಲ್ಲ. ಒಂದೊಂದು ಪ್ರಾಣಿಗೂ ಅದರದೇ ಪ್ರಭೇದಗಳು.

ಖಚಿತ ಮಾಡಿಕೊಳ್ಳಲು ಸಗಣಿ ಪರೀಕ್ಷೆ ಬೇಕು. ನೆಲದಿಂದ ಎತ್ತಿದ್ದಲ್ಲದೆ ಗುದದಿಂದಲೇ ತೆಗೆದ ತಾಜಾ ಮಾದರಿಯನ್ನು, ರೋಗದ ಮರಿಯೊಂದರಿಂದ ಮಾತ್ರವಲ್ಲ, ಅದೇ ವಯಸ್ಸಿನ ನಾಲ್ಕೈದು ಮರಿಗಳಿಂದ ಬೇರೆ ಬೇರೆ ಡಬ್ಬಿಯಲ್ಲಿ ಪಶು ಆಸ್ಪತ್ರೆಗೆ ಒಯ್ಯಬೇಕು. ಉಪ್ಪಿನ ದ್ರಾವಣದಲ್ಲಿ ತೇಲಿಸಿ ಸೂಕ್ಷ್ಮದರ್ಶಕದಲ್ಲಿ ಊಸಿಸ್ಟ್‌ಗಳನ್ನು ಎಣಿಸುತ್ತಾರೆ. ಆದರೆ ಆರೋಗ್ಯವಾಗಿರುವ ಮರಿಯಲ್ಲೂ ಸಾವಿರಾರು ಊಸಿಸ್ಟ್ ಇರಬಹುದು, ಇನ್ನು ರೋಗ ಜೋರಾಗಿರುವ ಮರಿಯಲ್ಲಿ ಅವು ಹೊರಬೀಳುವುದಕ್ಕೆ ಮೊದಲೇ ಭೇದಿ ಶುರುವಾಗಿರಬಹುದು. ಆದ್ದರಿಂದಲೇ ವೈದ್ಯರು ಸಂಖ್ಯೆಯ ಜೊತೆಗೆ ವಯಸ್ಸು, ಲಕ್ಷಣ, ಕೊಟ್ಟಿಗೆಯ ಸ್ಥಿತಿ ಎಲ್ಲವನ್ನೂ ಸೇರಿಸಿ ತೀರ್ಮಾನಿಸುತ್ತಾರೆ.

ಒಂದು ಉದಾಹರಣೆ ನೋಡಬಹುದು. ಎಂಟು ಆಡುಗಳಿರುವ ಮನೆಯೊಂದರಲ್ಲಿ ಜೂನ್ ಮೊದಲ ವಾರ ಹದಿಮೂರು ಮರಿ ಹುಟ್ಟಿವೆ ಎನ್ನೋಣ. ತಾಯಂದಿರು ಹಗಲು ಮೇಯಲು ಹೋಗುತ್ತವೆ, ಮರಿಗಳನ್ನು ಕೊಟ್ಟಿಗೆಯ ಒಂದೇ ಮೂಲೆಯಲ್ಲಿ ಮಂಕರಿ ಮುಚ್ಚಿ ಕೂಡಿಹಾಕುತ್ತಾರೆ. ಜೂನ್ 20ರ ಸುಮಾರಿಗೆ ಮಳೆ ಹಿಡಿದು ಆ ಮೂಲೆಯ ಹುಲ್ಲುಹಾಸು ನೆನೆಯುತ್ತದೆ. ಜುಲೈ 8ರಂದು ಒಂದು ಮರಿ ಕಪ್ಪು ನೀರಿನಂತೆ ಭೇದಿ ಮಾಡುತ್ತದೆ, ಮರುದಿನ ಇನ್ನೆರಡು. ಹದಿನೆಂಟು ದಿನ ಹಿಂದಕ್ಕೆ ಎಣಿಸಿದರೆ ಹಾಸು ನೆನೆದ ದಿನಕ್ಕೇ ಬರುತ್ತದೆ. ಉಳಿದ ಹತ್ತು ಮರಿಗಳೂ ಅದೇ ಮೂಲೆಯಲ್ಲಿ ಅದೇ ದಿನಗಳಲ್ಲಿ ಇದ್ದವು. ನೋಡಲು ಚೆನ್ನಾಗಿದ್ದರೂ ಅವುಗಳ ಕರುಳಿನಲ್ಲೂ ಅದೇ ಕೆಲಸ ನಡೆದಿದೆ.

ಇಂಥಲ್ಲಿ ಭೇದಿಯ ಮೂರು ಮರಿಗೆ ಮಾತ್ರ ಔಷಧಿ ಕೊಟ್ಟರೆ ಸಾಲದು. ಟಾಲ್ಟ್ರಾಜುರಿಲ್, ಸಲ್ಫಾಡಿಮಿಡಿನ್, ಆಂಪ್ರೋಲಿಯಂ ಮೊದಲಾದವು ಕರುಳಿನೊಳಗಿನ ಜೀವಿಯನ್ನು ತಡೆಯುತ್ತವೆ, ಕಿತ್ತುಹೋದ ಒಳಪದರವನ್ನು ಮಾತ್ರ ಕೂಡಿಸಲಾರವು. ರಕ್ತ ಕಂಡ ಮರಿಯಲ್ಲಿ ಹಾನಿಯ ಬಹುಪಾಲು ಆಗಿಯೇ ಹೋಗಿರುತ್ತದೆ. ಔಷಧಿಯಿಂದ ಹೆಚ್ಚು ಪ್ರಯೋಜನ ಇನ್ನೂ ಭೇದಿಯಾಗದ ಆ ಹತ್ತಕ್ಕೆ. ಹಾಗಾಗಿ ಒಂದೇ ವಯಸ್ಸಿನ ಇಡೀ ಗುಂಪಿಗೆ ಒಟ್ಟಿಗೆ ಕೊಡುವುದು ರೂಢಿ. ಪ್ರಮಾಣವನ್ನು ಮರಿಯ ತೂಕ ನೋಡಿ ಪಶುವೈದ್ಯರೇ ಹೇಳಬೇಕು. ಆಂಪ್ರೋಲಿಯಂ ಬಿ1 ಜೀವಸತ್ವದ ಕೆಲಸಕ್ಕೆ ಅಡ್ಡಬರುವುದರಿಂದ ಅಳತೆ ಮೀರಿ ಬಹುದಿನ ಕೊಟ್ಟರೆ ಮಿದುಳಿಗೇ ಕೆಡುಕಾಗುತ್ತದೆ. ಜಂತುಹುಳುವಿನ ಔಷಧಿಗಳಾದ ಆಲ್ಬೆಂಡಜೋಲ್, ಫೆನ್‌ಬೆಂಡಜೋಲ್ ಈ ರೋಗಕ್ಕೆ ತಾಗುವುದಿಲ್ಲ. ಭೇದಿ ಕಂಡ ಕೂಡಲೇ ಅವನ್ನು ಕುಡಿಸಿ ಎರಡು ದಿನ ಕಾಯುವುದರಲ್ಲೇ ಎಷ್ಟೋ ಮರಿಗಳು ಹೋಗುತ್ತವೆ.

ಮರಿಯನ್ನು ಕೊಲ್ಲುವುದು ಮುಖ್ಯವಾಗಿ ನೀರಿನ ಕೊರತೆ. ಕುತ್ತಿಗೆಯ ಚರ್ಮವನ್ನು ಚಿವುಟಿ ಬಿಟ್ಟಾಗ ಕೂಡಲೇ ಬಯಲಾಗದೆ ಎರಡು ಸೆಕೆಂಡಿಗಿಂತ ಹೆಚ್ಚು ಮಡಿಕೆಯಾಗಿಯೇ ನಿಂತರೆ, ಕಣ್ಣು ಗುಳಿಬಿದ್ದಿದ್ದರೆ, ದೇಹದ ನೀರು ಗಣನೀಯವಾಗಿ ಹೋಗಿದೆ ಎಂದರ್ಥ. 6 ಕಿಲೋ ತೂಕದ ಮರಿ ತೂಕದ ನೂರಕ್ಕೆ ಎಂಟರಷ್ಟು ನೀರು ಕಳೆದುಕೊಂಡಿದ್ದರೆ ಕೊರತೆ ತುಂಬಲಿಕ್ಕೇ ಸುಮಾರು 480 ಮಿಲಿ ಬೇಕು. ಭೇದಿಯಲ್ಲಿ ಮುಂದೆ ಹೋಗುವುದಕ್ಕೆ ಅದರ ಮೇಲೆ ಇನ್ನಷ್ಟು. 40 ಕಿಲೋ ಕರುವಿಗೆ ಇದೇ ಲೆಕ್ಕದಲ್ಲಿ 3 ಲೀಟರಿಗೂ ಮೇಲೆ. ಓಆರ್‌ಎಸ್ ಪುಡಿ ಸಿಗದಿದ್ದರೆ ಕಾಯಿಸಿ ಆರಿಸಿದ 1 ಲೀಟರ್ ನೀರಿಗೆ ಆರು ಮಟ್ಟದ ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು ಕದಡಿ, ಮರಿಗೆ ಒಂದು ಸಲಕ್ಕೆ ನೂರು ಮಿಲಿಯಂತೆ ದಿನಕ್ಕೆ ಹಲವು ಬಾರಿ ಕುಡಿಸಬಹುದು. ತಾಯಿಹಾಲು ನಿಲ್ಲಿಸಬಾರದು. ತಲೆ ಎತ್ತಲಾಗದ, ನುಂಗಲಾಗದ ಮರಿಗೆ ಬಾಯಿಂದ ಹೊಯ್ದರೆ ನೀರು ಶ್ವಾಸಕೋಶಕ್ಕೆ ಇಳಿಯುತ್ತದೆ. ಅದಕ್ಕೆ ಡ್ರಿಪ್ ಬೇಕು, ತಡಮಾಡದೆ 1962ಕ್ಕೆ ಕರೆಮಾಡಿ ಸಂಚಾರಿ ಪಶು ಚಿಕಿತ್ಸಾ ವಾಹನ ಕರೆಸಬಹುದು.

ಹರಡುವುದನ್ನು ತಡೆಯುವ ಕೆಲಸವೆಲ್ಲ ಊಸಿಸ್ಟ್ ಬಲಿಯುವ ಆ ಎರಡು ಮೂರು ದಿನದೊಳಗೆ ನಡೆಯಬೇಕು. ಮರಿಗಳ ಜಾಗದ ಹಿಕ್ಕೆ, ಒದ್ದೆ ಹಾಸನ್ನು ದಿನವೂ ತೆಗೆದರೆ ಅವು ಬಲಿಯುವ ಮೊದಲೇ ಹೊರಹೋಗುತ್ತವೆ. ವಾರಕ್ಕೊಮ್ಮೆ ಗುಡಿಸುವ ಕೊಟ್ಟಿಗೆಯಲ್ಲಿ ಗುಡಿಸುವ ಹೊತ್ತಿಗೆ ಅವು ಬಲಿತು ಮರಿಗಳ ಹೊಟ್ಟೆ ಸೇರಿರುತ್ತವೆ. ಫಿನಾಯಿಲ್, ಬ್ಲೀಚಿಂಗ್ ಪುಡಿ ಊಸಿಸ್ಟಿನ ಕವಚವನ್ನು ದಾಟುವುದಿಲ್ಲ. ನೀರು ಹೊಯ್ದು ತೊಳೆದು ಹಾಗೇ ಒದ್ದೆ ಬಿಟ್ಟರಂತೂ ಅವಕ್ಕೆ ಬೇಕಾದ ತೇವವನ್ನು ಕೈಯಾರೆ ಕೊಟ್ಟಂತೆ. ಅವನ್ನು ಕೊಲ್ಲುವುದು ಶಾಖ ಮತ್ತು ಒಣಹವೆ. ಮೊದಲು ಕೆರೆದು ಗುಡಿಸಿ, ಸಿಮೆಂಟ್ ನೆಲವಾದರೆ ಕುದಿಯುವ ನೀರು ಸುರಿದು ಅಥವಾ ಗ್ಯಾಸ್ ಬರ್ನರಿನ ಜ್ವಾಲೆ ಆಡಿಸಿ, ಪೂರ್ತಿ ಒಣಗಿದ ಮೇಲೆ ಹೊಸ ಹಾಸು ಹಾಕಬೇಕು. ಹುಲ್ಲಿನ ಸೂರಿನ ಕೊಟ್ಟಿಗೆಯಲ್ಲಿ ಜ್ವಾಲೆ ಬೇಡ. ಮಣ್ಣಿನ ನೆಲವಾದರೆ ಮೇಲ್ಪದರ ಕೆರೆದು ತೆಗೆದು ಹೊಸ ಮಣ್ಣು ಹಾಕಿ ಬಡಿಯುವುದು, ಮಂಕರಿಯ ಜಾಗ ಬದಲಿಸುತ್ತ ಇರುವುದು, ಬಿಸಿಲಿದ್ದಾಗ ಮಂಕರಿಯನ್ನೇ ಬಿಸಿಲಿಗೆ ಹಾಕುವುದು ಒಳ್ಳೆಯದು. ಮರದ ಪಟ್ಟಿಗಳ ಎತ್ತರದ ಅಟ್ಟದ ಮೇಲೆ ಸಾಕುವವರಿಗೆ ಈ ರೋಗ ಕಡಿಮೆ. ಹಿಕ್ಕೆ ಕೆಳಗೆ ಬಿದ್ದುಹೋಗುವುದೇ ಅದಕ್ಕೆ ಕಾರಣ.

ಮರಿಗಳು ಹತ್ತಿ ನಿಲ್ಲಲಾಗದಂತೆ ಗೋದಲಿಯನ್ನು ಎತ್ತರಿಸಬೇಕು, ಸೊಪ್ಪನ್ನು ಕಟ್ಟಿ ನೇತುಹಾಕಬೇಕು, ನೀರಿನ ಬಾನಿಯ ಸುತ್ತ ಕೆಸರಾಗದಂತೆ ನೋಡಬೇಕು. ದೊಡ್ಡ ಆಡುಗಳು ರೋಗವಿಲ್ಲದೆಯೇ ಊಸಿಸ್ಟ್ ಹೊರಹಾಕುತ್ತಿರುವುದರಿಂದ, ಈಯುವ ಮುನ್ನ ಕೆಚ್ಚಲ ಸುತ್ತ ಅಂಟಿದ ಕೊಳೆ ತೆಗೆಯುವುದೂ ಮುಖ್ಯ. ಎರಡು ತಿಂಗಳ ಮರಿಗಳ ಜಾಗಕ್ಕೆ ಎರಡು ವಾರದ ಮರಿಗಳನ್ನು ಬಿಡಬಾರದು. ಮೊದಲ ಗುಂಪು ಹೊರಹಾಕಿದ್ದನ್ನೆಲ್ಲ ಎರಡನೆಯ ಗುಂಪು ಒಮ್ಮೆಲೇ ತಿನ್ನಬೇಕಾಗುತ್ತದೆ, ಹೀಗಾಗಿ ತಡವಾಗಿ ಹುಟ್ಟಿದ ಮರಿಗಳಲ್ಲೇ ಸಾವು ಹೆಚ್ಚು. ರೋಗದ ಮರಿಗಳನ್ನು ಗಂಜಲ, ನೀರು ಇತರ ಮರಿಗಳತ್ತ ಹರಿಯದ ಇಳಿಜಾರಿನ ಕಡೆ ಇಟ್ಟು, ಮೇವು ನೀರು ಕೊಡುವಾಗ ಆರೋಗ್ಯದ ಮರಿಗಳನ್ನು ಮೊದಲು, ಅವನ್ನು ಕೊನೆಗೆ ನೋಡಿಕೊಳ್ಳಬೇಕು. ತೆಗೆದ ಕಸ ತಿಪ್ಪೆಯ ನಡುವೆ ಹುದುಗಿ ಬಿಸಿಯೇರಬೇಕೇ ಹೊರತು, ಮರಿಗಳಿಗೆ ಕೊಯ್ಯುವ ಮೇವಿನ ಮಡಿಗೆ ಹಸಿಯಾಗಿ ಹೋಗಬಾರದು.

ಹಾಲು ಬಿಡಿಸುವುದು, ಸಂತೆಯಿಂದ ತರುವುದು, ಮೇವು ಒಮ್ಮೆಲೇ ಬದಲಿಸುವುದು ಮರಿಯ ಮೈಯ ತಡೆಶಕ್ತಿಯನ್ನು ಕುಗ್ಗಿಸುತ್ತವೆ. ಇವು ನಡೆದ ಎರಡು ಮೂರು ವಾರದವರೆಗೆ ದಿನವೂ ಹಿಕ್ಕೆ ನೋಡಬೇಕು. ಹಿಂದಿನ ವರ್ಷ ರೋಗ ಕಂಡ ಕೊಟ್ಟಿಗೆಯಲ್ಲಿ ಆ ಅವಧಿಗೆ ಮೊದಲೇ ತಡೆ ಔಷಧಿ ಕೊಡುವ ಬಗ್ಗೆ ಪಶುವೈದ್ಯರನ್ನು ಕೇಳಬಹುದು. ಮೊನೆನ್ಸಿನ್ ಸೇರಿಸಿದ ಸಿದ್ಧ ಆಹಾರವನ್ನೂ ಇದಕ್ಕೆ ಬಳಸುವುದುಂಟು. ಆದರೆ ಅದು ಕುದುರೆ, ಕತ್ತೆಗಳಿಗೆ ಪ್ರಾಣಾಂತಿಕ ವಿಷ. ಉತ್ತರ ಕರ್ನಾಟಕದ ಸಂಚಾರಿ ಕುರಿಗಾಹಿಗಳಂತೆ ಹಿಂಡಿನ ಜೊತೆ ಹೇರಿನ ಕುದುರೆ, ಕತ್ತೆ ಇಟ್ಟುಕೊಂಡವರು ಆ ಆಹಾರದ ಚೀಲ ಅವುಗಳ ಬಾಯಿಗೆ ಸಿಗದಂತೆ ಬೇರೆ ಕಡೆ ಕಟ್ಟಿಡಬೇಕು.