ಅಂಪೈರನ ಸಂಜ್ಞೆಗಳು: ಆಡುತ್ತಲೇ ಕಲಿಯುವ ಬಗೆ

ಕಾಫಿ ಕೊಯ್ಲು ಮುಗಿದು ಕಣ ಖಾಲಿಯಾಯಿತೆಂದರೆ ಕಳಸದ ಸುತ್ತಿನ ಹಳ್ಳಿಗಳಲ್ಲಿ ಕ್ರಿಕೆಟ್ ಪಂದ್ಯಗಳು ಆರಂಭವಾಗುತ್ತವೆ. ಆಡುವವರಿಗೆ ಕೊರತೆಯಿಲ್ಲ. ಅಂಪೈರ್ ಆಗಿ ನಿಲ್ಲಲು ಮಾತ್ರ ಯಾರೂ ಮುಂದೆ ಬರುವುದಿಲ್ಲ. ಬಂದವನು ಎರಡು ಓವರು ಕಳೆಯುವುದರೊಳಗೆ ಎರಡೂ ಕಡೆಯವರಿಂದ ಬೈಸಿಕೊಳ್ಳುತ್ತಾನೆ. ಜಗಳಕ್ಕೆ ಔಟೇ ಕಾರಣವೆಂದು ನಾವು ತಿಳಿಯುತ್ತೇವೆ. ವಿಚಾರಿಸಿ ನೋಡಿದರೆ ರನ್ನಿನ ಲೆಕ್ಕದ ಜಗಳವೂ ಅಷ್ಟೇ ಇರುತ್ತದೆ. ಒಬ್ಬರ ಪುಸ್ತಕದಲ್ಲಿ 47, ಇನ್ನೊಬ್ಬರದರಲ್ಲಿ 49. ಆ ಎರಡು ರನ್ನು ಯಾವುದೋ ನೋ ಬಾಲಿನ ಹತ್ತಿರ ಕಳೆದುಹೋಗಿರುತ್ತದೆ. ಇದನ್ನು ತಪ್ಪಿಸಲು ನಿಮ್ಮ ಯುವಕ ಮಂಡಲದಲ್ಲಿ ಹತ್ತು ಓವರಿನ ಒಂದು ಕಲಿಕೆಯ ಪಂದ್ಯ ನಡೆಸಿರಿ. ಅದರ ಕ್ರಮ ಹೀಗೆ.

ಮೊದಲು ಪಿಚ್ಚಿನ ಅಳತೆ. ಒಂದು ಗೂಟದ ಸಾಲಿನಿಂದ ಇನ್ನೊಂದಕ್ಕೆ 66 ಅಡಿ, ಎಂದರೆ 22 ಗಜ. ಗುಂಟೆ ಲೆಕ್ಕ ತಿಳಿದ ನಿಮಗೆ ಇದನ್ನು ನೆನಪಿಡುವುದು ಸುಲಭ: ಒಂದು ಗುಂಟೆ ಚೌಕದ ಬದಿ 33 ಅಡಿ, ಪಿಚ್ಚು ಅಂಥ ಎರಡು ಬದಿಯಷ್ಟು ಉದ್ದ. ಗೂಟಗಳಿಗೆ ಅಡಿಕೆ ದಬ್ಬೆ ಸಾಕು. ಎತ್ತರ 28 ಅಂಗುಲ, ಮೂರೂ ಸೇರಿ ಅಗಲ 9 ಅಂಗುಲ. ಗೂಟದಿಂದ 4 ಅಡಿ ಮುಂದೆ ಸುಣ್ಣದಿಂದ ಅಡ್ಡಗೆರೆ ಎಳೆಯಿರಿ. ಈ ಗೆರೆ ತೆಳ್ಳಗೆ, ನೇರವಾಗಿ ಇರಬೇಕು. ಏಕೆಂದರೆ ಅಂಪೈರ್ ನೋಡಬೇಕಾದದ್ದು ಗೆರೆಯ ಹಿಂದಿನ ಅಂಚನ್ನು, ಗೆರೆಯನ್ನಲ್ಲ. ಬೌಲರನ ಮುಂಗಾಲು ಊರುವಾಗ ಅದರ ಸ್ವಲ್ಪ ಭಾಗವಾದರೂ ಆ ಅಂಚಿನ ಹಿಂದಿರಬೇಕು. ಹಿಮ್ಮಡಿ ನೆಲಕ್ಕೆ ತಾಗದೆ ಗಾಳಿಯಲ್ಲಿ ಇದ್ದರೂ ಅಡ್ಡಿಯಿಲ್ಲ. ಇಡೀ ಪಾದ ಅಂಚನ್ನು ದಾಟಿದರೆ ನೋ ಬಾಲ್. ಓಡಿ ಬರುವ ಬ್ಯಾಟುಗಾರನಿಗೂ ಇದೇ ಅಂಚು, ಆದರೆ ಅವನ ಬ್ಯಾಟೋ ಕಾಲೋ ಅಂಚಿನ ಹಿಂದೆ ನೆಲಕ್ಕೆ ಊರಿರಬೇಕು. ಸುಣ್ಣದ ಮೇಲೆ ಬ್ಯಾಟು ಇಟ್ಟವನು ಒಳಗೆ ಬಂದಂತಾಗಲಿಲ್ಲ.

ಇನ್ನು ಕಲಿಯುವವರ ಏರ್ಪಾಡು. ಬ್ಯಾಟು ಮಾಡುವ ತಂಡದಲ್ಲಿ ಸರದಿ ಕಾಯುತ್ತಿರುವವರೇ ಪ್ರತಿ ಓವರಿಗೆ ಇಬ್ಬರಂತೆ ಅಂಪೈರ್ ಆಗಲಿ. ತಂಡಕ್ಕೆ ಒಬ್ಬರಂತೆ ಇಬ್ಬರು ಲೆಕ್ಕ ಬರೆಯುವವರನ್ನು ಅರುವತ್ತು ಹೆಜ್ಜೆ ದೂರದಲ್ಲಿ, ಒಬ್ಬರ ಪುಸ್ತಕ ಇನ್ನೊಬ್ಬರಿಗೆ ಕಾಣದಂತೆ ಕೂರಿಸಿರಿ. ಇವರು ಅಂಪೈರನ ಕೈ ನೋಡಿಯೇ ಬರೆಯಬೇಕು, ಯಾರನ್ನೂ ಕೂಗಿ ಕೇಳಕೂಡದು. ಓವರು ಮುಗಿದೊಡನೆ ಎರಡು ಪುಸ್ತಕಗಳನ್ನೂ ಹೋಲಿಸಿರಿ. ವ್ಯತ್ಯಾಸ ಬಂದರೆ ಆ ಓವರಿನ ಅಂಪೈರನ ಯಾವುದೋ ಸಂಜ್ಞೆ ಸರಿಯಾಗಿ ತಲುಪಲಿಲ್ಲವೆಂದು ತಿಳಿಯಿರಿ. ಪಾಠವಾಗುವುದು ಅಲ್ಲಿಯೇ. ಅಂಪೈರನ ಎಡಜೇಬಿನಲ್ಲಿ ಆರು ಅಡಿಕೆ ಇರಲಿ. ಒಂದೊಂದು ಚೆಂಡಿಗೆ ಒಂದೊಂದನ್ನು ಬಲಜೇಬಿಗೆ ಹಾಕಿದರೆ ಓವರಿನ ಎಣಿಕೆ ತಪ್ಪದು.

ಸಂಜ್ಞೆಗಳಿಗೆ ಹೊತ್ತುಂಟು. ಚೆಂಡು ಆಟದಲ್ಲಿರುವಾಗ ಮಾಡತಕ್ಕವು ನಾಲ್ಕೇ: ನೋ ಬಾಲಿಗೆ ಒಂದು ತೋಳನ್ನು ಭುಜದ ಮಟ್ಟಕ್ಕೆ ಅಡ್ಡಲಾಗಿ ಚಾಚುವುದು, ವೈಡಿಗೆ ಎರಡು ತೋಳುಗಳನ್ನೂ ಹಾಗೆ ಚಾಚುವುದು, ಔಟಿಗೆ ತೋರುಬೆರಳನ್ನು ತಲೆಯ ಮೇಲಕ್ಕೆ ಎತ್ತುವುದು, ಡೆಡ್ ಬಾಲಿಗೆ ಸೊಂಟದ ಕೆಳಗೆ ಮಣಿಕಟ್ಟುಗಳನ್ನು ಅಡ್ಡ ಹಾಯಿಸಿ ಆಡಿಸುವುದು. ಬೈಗೆ ತೆರೆದ ಅಂಗೈಯನ್ನು ತಲೆಯ ಮೇಲೆ ಎತ್ತುವುದು, ಲೆಗ್ ಬೈಗೆ ಎತ್ತಿದ ಮೊಣಕಾಲನ್ನು ಕೈಯಿಂದ ಮುಟ್ಟುವುದು, ನಾಲ್ಕಕ್ಕೆ ಕೈ ಬೀಸುವುದು, ಆರಕ್ಕೆ ಎರಡು ಕೈ ಎತ್ತುವುದು, ಓಟ ಪೂರ್ತಿಯಾಗದೆ ಹಿಂದಿರುಗಿದರೆ ಬೆರಳ ತುದಿಯಿಂದ ಭುಜ ಮುಟ್ಟುವುದು, ಇವೆಲ್ಲ ಚೆಂಡು ನಿಂತ ಮೇಲೆ. ಆಗ ನೋ ಬಾಲ್, ವೈಡ್‌ಗಳ ಸಂಜ್ಞೆಯನ್ನೂ ಲೆಕ್ಕದವರ ಕಡೆ ತಿರುಗಿ ಮತ್ತೊಮ್ಮೆ ತೋರಿಸತಕ್ಕದ್ದು. ಲೆಕ್ಕದವರು ಕೈ ಎತ್ತಿ ಒಪ್ಪಿಕೊಳ್ಳುವವರೆಗೆ ಮುಂದಿನ ಚೆಂಡಿಗೆ ಅನುಮತಿ ಕೊಡಬೇಡಿ. ನಮ್ಮ ಕಡೆ ತಪ್ಪುವುದು ಬಹುಮಟ್ಟಿಗೆ ಇದೊಂದೇ.

ಒಂದು ಚೆಂಡನ್ನು ತೆಗೆದುಕೊಂಡು ನೋಡೋಣ. ತಂಡದ ಮೊತ್ತ 31, ಹೋದ ವಿಕೆಟು 2. ಬೌಲರನ ಪಾದ ಪೂರಾ ಗೆರೆ ದಾಟಿತು. ಅಂಪೈರ್ "ನೋ ಬಾಲ್" ಎಂದು ಕೂಗಿ ತೋಳು ಚಾಚಿದ. ಬ್ಯಾಟುಗಾರ ಬೀಸಿದ, ತಾಗಲಿಲ್ಲ. ವಿಕೆಟ್ ಕೀಪರನಿಗೂ ಸಿಕ್ಕದೆ ಚೆಂಡು ಹಿಂದಿನ ಪೊದೆಗೆ ಹೋಯಿತು. ಬ್ಯಾಟುಗಾರರು ಒಂದು ಓಟ ಮುಗಿಸಿ ಎರಡನೆಯದಕ್ಕೆ ತಿರುಗಿದರು. ಅಷ್ಟರಲ್ಲಿ ಚೆಂಡು ಕೀಪರನ ಕೈಗೆ ಬಂದು, ಬೀಸಿದವನೇ ಗೆರೆ ಮುಟ್ಟುವ ಮೊದಲು ಬೇಲ್ಸ್ ಉರುಳಿತು. ಆಡುವವರು "ನೋ ಬಾಲಿಗೆ ಔಟಿಲ್ಲ" ಎನ್ನುತ್ತಾರೆ. ಅದು ಅರ್ಧ ಮಾತು. ನೋ ಬಾಲಿನಲ್ಲಿ ಬೌಲ್ಡ್, ಕ್ಯಾಚ್, ಎಲ್.ಬಿ.ಡಬ್ಲ್ಯು. ಇಲ್ಲ, ರನ್ ಔಟ್ ಉಂಟು. ಆದರೆ ಎದುರು ತಂಡದವರು ಕೇಳದೆ ಅಂಪೈರ್ ಔಟ್ ಕೊಡಕೂಡದು. ಕೇಳಿದರೆ ಕೀಪರನ ಕಡೆಯ ಓಟಕ್ಕೆ ಉತ್ತರ ಹೇಳುವವನು ಪಕ್ಕದಲ್ಲಿ ನಿಂತ ಎರಡನೆಯ ಅಂಪೈರ್. ಅವನು ಬೆರಳೆತ್ತಿದ. ಎಲ್ಲರ ಕಣ್ಣೂ ಅತ್ತ ಹೋಯಿತು, ಲೆಕ್ಕದವರ ಕಣ್ಣು ಕೂಡ. ಆದುದರಿಂದಲೇ ಮೊದಲನೆಯ ಅಂಪೈರ್ ನೋ ಬಾಲನ್ನು ಮತ್ತೆ ತೋರಿಸಿ, ಲೆಕ್ಕದವರು ಕೈ ಎತ್ತಿದ ಮೇಲೆ ಬೈ ತೋರಿಸಿ, ಅದಕ್ಕೂ ಒಪ್ಪಿಗೆ ಪಡೆಯಬೇಕು. ನೋ ಬಾಲಿಗೆ ಒಂದು, ಪೂರ್ತಿಯಾದ ಓಟಕ್ಕೆ ಬೈ ಒಂದು. ಔಟಾದ ಎರಡನೆಯ ಓಟ ಲೆಕ್ಕಕ್ಕಿಲ್ಲ. ಮೊತ್ತ 33, ವಿಕೆಟು 3. ಬೌಲರನ ಹೆಸರಿಗೆ ನೋ ಬಾಲಿನ ಒಂದು ರನ್ನು ಮಾತ್ರ, ವಿಕೆಟು ಇಲ್ಲ. ಜೇಬಿನ ಅಡಿಕೆ ಕದಲಬಾರದು, ಆ ಚೆಂಡನ್ನು ಮತ್ತೆ ಹಾಕಬೇಕು. ಹಿಂದೆ ನೋ ಬಾಲಿನಲ್ಲಿ ಓಡಿದ ಬೈಗಳನ್ನೂ ನೋ ಬಾಲೆಂದೇ ಬರೆಯುತ್ತಿದ್ದರು. 2017ರ ನಿಯಮಾವಳಿ ಬಂದ ಮೇಲೆ ಬೈಗಳನ್ನು ಬೇರೆಯಾಗಿ ಬರೆಯುತ್ತಾರೆ. ಹಿರಿಯ ಆಟಗಾರರು ಇಲ್ಲಿ ವಾದಕ್ಕೆ ನಿಲ್ಲುವುದುಂಟು.

ವೈಡ್ ಕೊಡಲು ಅವಸರ ಬೇಡ. ಚೆಂಡು ಬ್ಯಾಟುಗಾರನ ಗೂಟಗಳ ಸಾಲನ್ನು ದಾಟಲಿ. ಅವನು ಸಾಮಾನ್ಯವಾಗಿ ಹೊಡೆಯುವ ರೀತಿಯಲ್ಲಿ ಎಟುಕದಿದ್ದರೆ ವೈಡ್, ತಾನೇ ಸರಿದು ಎಟುಕಿಸಿಕೊಂಡರೆ ಅಲ್ಲ. ಬೌಲರನ ಉದ್ದೇಶವನ್ನು ನೋಡತಕ್ಕದ್ದಿಲ್ಲ. 1999ರ ಫೆಬ್ರವರಿ 7ರಂದು ದೆಹಲಿಯಲ್ಲಿ ಪಾಕಿಸ್ತಾನದ ಎದುರು ನಮ್ಮ ಅನಿಲ್ ಕುಂಬ್ಳೆಯವರು ಒಂದೇ ಇನ್ನಿಂಗ್ಸಿನಲ್ಲಿ ಹತ್ತು ವಿಕೆಟ್ ಪಡೆದ ದಿನ, ಕಡೆಯ ವಿಕೆಟ್ ಅವರಿಗೇ ಸಿಗಲೆಂದು ಜಾವಗಲ್ ಶ್ರೀನಾಥರು ಬೇಕೆಂದೇ ದೂರ ದೂರಕ್ಕೆ ಚೆಂಡು ಹಾಕಿದರು. ಉದ್ದೇಶ ಒಳ್ಳೆಯದೆಂದು ವೈಡ್ ಸಾರುವುದು ತಪ್ಪಲಿಲ್ಲ. ಆ ರನ್ನು ಎದುರಾಳಿಗೇ ಹೋಯಿತು.

ಬ್ಯಾಟುಗಾರರು ಓಡತೊಡಗಿದಾಗ ಗೂಟದ ಹಿಂದಿರುವ ಅಂಪೈರ್ ಅಲ್ಲಿಯೇ ನಿಂತರೆ ಗೆರೆ ಕಾಣದು. ಚೆಂಡು ಹೋದ ಬದಿಗೆ ಬೇಗನೆ ಸರಿದು, ಗೆರೆಗೆ ನೇರವಾಗಿ ನಿಲ್ಲಬೇಕು. ಎಸೆತದ ದಾರಿಗೆ ಮಾತ್ರ ಅಡ್ಡ ಬರಬಾರದು. ನಮ್ಮ ಗುಡ್ಡದ ನೆತ್ತಿಯ ಬಯಲುಗಳಲ್ಲಿ ಗಾಳಿಗೆ ಬೇಲ್ಸ್ ನಿಲ್ಲದ ದಿನಗಳೂ ಇರುತ್ತವೆ. ಆಗ ಅಂಪೈರರು ಇಬ್ಬರೂ ಒಪ್ಪಿ, ಎರಡು ಕಡೆಯ ಬೇಲ್ಸನ್ನೂ ತೆಗೆದುಬಿಡಬಹುದು. ಆ ಮೇಲೆ ಗೂಟ ಬೀಳಬೇಕೆಂದಿಲ್ಲ, ಚೆಂಡು ಗೂಟಕ್ಕೆ ತಾಗಿತೆಂದು ಅಂಪೈರಿಗೆ ಮನವರಿಕೆಯಾದರೆ ಸಾಕು. ಇದನ್ನು ಎರಡು ತಂಡದ ನಾಯಕರಿಗೂ ತಿಳಿಸಿಯೇ ಆಟ ಮುಂದುವರಿಸಿರಿ.

ಎಲ್.ಬಿ.ಡಬ್ಲ್ಯು.ವನ್ನು ಮೊದಲ ಎರಡು ಕಲಿಕೆಯ ಪಂದ್ಯಗಳಲ್ಲಿ ನಾಯಕರ ಒಪ್ಪಿಗೆಯಿಂದ ಬಿಟ್ಟುಬಿಡುವುದು ಲೇಸೆಂದು ನನ್ನ ಅಭಿಪ್ರಾಯ. ಚೆಂಡು ಎಲ್ಲಿ ನೆಲ ಮುಟ್ಟಿತು, ಕಾಲಿಗೆ ಎಲ್ಲಿ ಬಡಿಯಿತು, ಮುಂದೆ ಗೂಟಕ್ಕೆ ತಾಗುತ್ತಿತ್ತೇ ಎಂಬ ಮೂರನ್ನೂ ಒಂದೇ ಗಳಿಗೆಯಲ್ಲಿ ನೋಡಬೇಕು. ಮುಂಗಾಲಿನ ಗೆರೆಯಿಂದ ಕಣ್ಣೆತ್ತಿ ಪಿಚ್ಚಿನ ಆ ತುದಿಗೆ ತರುವ ಅಭ್ಯಾಸವೇ ಹೊಸಬರಿಗೆ ಇನ್ನೂ ಬಂದಿರುವುದಿಲ್ಲ. ಎರಡು ಪುಸ್ತಕಗಳು ಹತ್ತು ಓವರು ಪೂರ್ತಿ ವ್ಯತ್ಯಾಸವಿಲ್ಲದೆ ಹೊಂದಿದ ಪಂದ್ಯದ ನಂತರ ಅದನ್ನು ಸೇರಿಸಿಕೊಳ್ಳಿರಿ.