ಕೊಟ್ಟ ನಂಬರಿಗೂ ಒಂದು ಕೊನೆಯ ದಿನವಿರಲಿ

‘ನಮ್ಮ ಕಾಲೇಜಿನ ವಿಚಾರಗೋಷ್ಠಿಗೆ ಬಂದವರ ಫೋನ್ ನಂಬರುಗಳನ್ನು ನಾವು ಎಷ್ಟು ದಿನ ಇಟ್ಟುಕೊಳ್ಳಬಹುದು ಸಾರ್?’ ನಮ್ಮ ಚರ್ಚಾ ಕಾರ್ಯಕ್ರಮವೊಂದರ ಚಿತ್ರೀಕರಣ ಮುಗಿಯುವ ಹೊತ್ತಿಗೆ ಪ್ರೇಕ್ಷಕರ ಸಾಲಿನಿಂದ ಒಬ್ಬ ವಿದ್ಯಾರ್ಥಿನಿ ಕೇಳಿದ ಪ್ರಶ್ನೆ ಇದು. ಆಗಲೇ ಸಮಯ ಮೀರಿದ್ದರಿಂದ ಉತ್ತರ ತೆರೆಯ ಮೇಲೆ ಬರಲಿಲ್ಲ. ಅದನ್ನು ಇಲ್ಲಿ ಸ್ವಲ್ಪ ವಿವರವಾಗಿ ಹೇಳುತ್ತೇನೆ. ಏಕೆಂದರೆ ಈ ವಿಷಯದಲ್ಲಿ ನಾನೇ ಒಮ್ಮೆ ಎಡವಿದ್ದೇನೆ.

ಕೆಲವು ವರ್ಷಗಳ ಹಿಂದೆ ಯುವಜನರ ಚರ್ಚೆಯೊಂದಕ್ಕೆ ೬೦ ವಿದ್ಯಾರ್ಥಿಗಳನ್ನು ಕರೆಸಿದ್ದೆವು. ಹೆಸರು, ಕಾಲೇಜು, ಫೋನ್ ನಂಬರು ಇದ್ದ ಪಟ್ಟಿಯನ್ನು ಅಚ್ಚು ಹಾಕಿಸಿ ಬಾಗಿಲ ಬಳಿ ಇಟ್ಟು ಸಹಿ ಮಾಡಿಸಿಕೊಂಡೆವು. ಕಾರ್ಯಕ್ರಮ ಮುಗಿಯಿತು, ಪಟ್ಟಿ ಮೇಜಿನ ಮೇಲೆಯೇ ಉಳಿಯಿತು. ಎರಡು ತಿಂಗಳ ನಂತರ ಒಬ್ಬ ಹುಡುಗಿಯ ತಾಯಿ ನನಗೆ ಫೋನ್ ಮಾಡಿದರು. ಅವರ ಫೋನಿಗೆ ರಾತ್ರಿ ಹೊತ್ತು ಅಪರಿಚಿತನೊಬ್ಬ ಕರೆಮಾಡಿ ಮಗಳ ಹೆಸರು ಹಿಡಿದು ಕೇಳುತ್ತಿದ್ದ. ‘ಅವಳಿಗೆ ಸ್ವಂತ ಫೋನೇ ಇಲ್ಲ. ನನ್ನ ನಂಬರನ್ನು ಅವಳು ಬೇರೆ ಎಲ್ಲೂ ಕೊಟ್ಟಿಲ್ಲ, ನಿಮ್ಮಲ್ಲಿ ಮಾತ್ರ ಬರೆದದ್ದು’ ಎಂದರು. ಮಗಳ ಹೆಸರೂ ತಾಯಿಯ ನಂಬರೂ ಒಂದೇ ಸಾಲಿನಲ್ಲಿ ಇದ್ದದ್ದು ನಮ್ಮ ಹಾಳೆಯಲ್ಲಿ ಮಾತ್ರ. ಸಾಲಿನಲ್ಲಿ ನಿಂತವರು ಯಾರೋ ಅದರ ಚಿತ್ರ ತೆಗೆದುಕೊಂಡರೋ, ಆಮೇಲೆ ರದ್ದಿಗೆ ಹೋದ ಹಾಳೆ ಯಾರ ಕೈಗಾದರೂ ಸಿಕ್ಕಿತೋ, ಕೊನೆಗೂ ಗೊತ್ತಾಗಲಿಲ್ಲ. ಆ ನಂಬರು ತಾಯಿಯ ಬ್ಯಾಂಕ್ ಖಾತೆಗೂ ಅಡುಗೆ ಅನಿಲಕ್ಕೂ ಸೇರಿಕೊಂಡಿತ್ತು. ಅದನ್ನು ಬದಲಿಸಲು ಅವರು ಕಚೇರಿಯಿಂದ ಕಚೇರಿಗೆ ಅಲೆಯಬೇಕಾಯಿತು. ಇನ್ನೂ ೫೯ ಮಂದಿಯ ನಂಬರುಗಳು ಅದೇ ಪಟ್ಟಿಯಲ್ಲಿದ್ದವು. ಅವರಿಗೊಂದು ಎಚ್ಚರಿಕೆಯ ಮಾತು ಹೇಳಬೇಕೆಂದು ನನಗೆ ಆಗ ಹೊಳೆಯಲೇ ಇಲ್ಲ.

ಕಾನೂನು ಏನು ಹೇಳುತ್ತದೆ?

ಖಾಸಗಿತನವು ಸಂವಿಧಾನ ಕೊಟ್ಟ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ ೨೦೧೭ರ ಆಗಸ್ಟ್ ೨೪ರಂದು ತೀರ್ಪು ನೀಡಿತು. ಆ ಮೊಕದ್ದಮೆಯ ಅರ್ಜಿದಾರರು ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿ. ಬಳಿಕ ೨೦೨೩ರ ಆಗಸ್ಟ್‌ನಲ್ಲಿ ಸಂಸತ್ತು ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆಯನ್ನು ಅಂಗೀಕರಿಸಿತು. ಅದರ ನಿಯಮಗಳು ೨೦೨೫ರ ನವೆಂಬರ್‌ನಲ್ಲಿ ಪ್ರಕಟವಾದವು. ಒಪ್ಪಿಗೆ ಪಡೆಯುವುದು, ಅಳಿಸುವುದು ಮುಂತಾದ ಮುಖ್ಯ ಕರ್ತವ್ಯಗಳಿಗೆ ಅಲ್ಲಿಂದ ೧೮ ತಿಂಗಳ, ಅಂದರೆ ೨೦೨೭ರ ಮೇ ತಿಂಗಳವರೆಗಿನ ಕಾಲಾವಕಾಶ ಕೊಡಲಾಯಿತು.

ಈ ಕಾಯಿದೆ ಡಿಜಿಟಲ್ ರೂಪದಲ್ಲಿರುವ ಮಾಹಿತಿಗೆ ಸಂಬಂಧಿಸಿದ್ದು. ಬಾಗಿಲಲ್ಲಿ ಇಟ್ಟ ಕಾಗದದ ಪುಸ್ತಕ ಹಾಗೆಯೇ ಉಳಿದರೆ ಅದು ಇದರ ವ್ಯಾಪ್ತಿಗೆ ಬರುವುದಿಲ್ಲ. ಅದನ್ನು ಫೋನಿನಲ್ಲಿ ಚಿತ್ರ ತೆಗೆದು ಕಂಪ್ಯೂಟರಿಗೆ ಏರಿಸಿದ ಕ್ಷಣದಿಂದ ಬರುತ್ತದೆ. ನಿಮ್ಮ ಸ್ನೇಹಿತರ ನಂಬರನ್ನು ಸ್ವಂತ ಬಳಕೆಗಾಗಿ ನಿಮ್ಮ ಫೋನಿನಲ್ಲಿ ಇಟ್ಟುಕೊಳ್ಳುವುದಕ್ಕೂ ಇದು ಅನ್ವಯಿಸುವುದಿಲ್ಲ. ಆದರೆ ಕಾಲೇಜಿನ ಸಂಘವು ಬಂದವರ ಪಟ್ಟಿ ಮಾಡಿದರೆ ಅದು ಸ್ವಂತ ಬಳಕೆಯಲ್ಲ. ಹೊಣೆ ಸಂಸ್ಥೆಯದು.

ಕಾಯಿದೆಯ ಒಳತಿರುಳು ಒಂದೇ. ಯಾವ ಉದ್ದೇಶಕ್ಕೆಂದು ಹೇಳಿ ಪಡೆದಿರೋ ಆ ಉದ್ದೇಶಕ್ಕೆ ಮಾತ್ರ ಬಳಸಬೇಕು, ಉದ್ದೇಶ ತೀರಿದ ಮೇಲೆ ಅಳಿಸಬೇಕು. ಆದ್ದರಿಂದ ಅಳಿಸುವ ದಿನವನ್ನು ಪಟ್ಟಿ ತಯಾರಿಸುವ ಮೊದಲೇ ನಿಶ್ಚಯಿಸಿಕೊಳ್ಳಬೇಕು.

ಒಂದು ಗೋಷ್ಠಿಯ ಲೆಕ್ಕ

ಒಂದು ಉದಾಹರಣೆ ತೆಗೆದುಕೊಳ್ಳೋಣ. ಒಂದು ಪದವಿ ಕಾಲೇಜಿನ ವಿಜ್ಞಾನ ಸಂಘವು ತಿಂಗಳ ೧೦ನೇ ತಾರೀಖಿನಂದು ಗೋಷ್ಠಿ ಏರ್ಪಡಿಸಿದೆ. ಸುತ್ತಲಿನ ಕಾಲೇಜುಗಳಿಂದ ೮೪ ಮಂದಿ ಬರಲಿದ್ದಾರೆ. ನಂಬರು ಏಕೆ ಬೇಕು? ಸಮಯ ಅಥವಾ ಸ್ಥಳ ಬದಲಾದರೆ ತಿಳಿಸಲು, ಆಮೇಲೆ ಪ್ರಮಾಣಪತ್ರ ಸಿದ್ಧವಾದಾಗ ಹೇಳಿ ಕಳುಹಿಸಲು. ಎರಡೂ ಕೆಲಸ ೨೫ನೇ ತಾರೀಖಿನೊಳಗೆ ಮುಗಿಯುತ್ತವೆ. ಹಾಗಾದರೆ ಅಳಿಸುವ ದಿನ ೨೫.

ಇನ್ನು ಅರ್ಜಿಯಲ್ಲಿ ಹುಟ್ಟಿದ ದಿನಾಂಕ, ಮನೆಯ ವಿಳಾಸ, ಆಧಾರ್ ಸಂಖ್ಯೆ ಕೇಳಬೇಕೇ? ಈ ಎರಡು ಕೆಲಸಗಳಿಗೆ ಅವು ಯಾವುವೂ ಬೇಕಿಲ್ಲ. ಒಪ್ಪಿಗೆಯು ಅಗತ್ಯವಿರುವಷ್ಟಕ್ಕೆ ಮಾತ್ರ ಸಲ್ಲುತ್ತದೆ ಎನ್ನುತ್ತದೆ ಕಾಯಿದೆ. ಅದೇ ಒಂದು ದೃಷ್ಟಾಂತವನ್ನೂ ಕೊಡುತ್ತದೆ. ವೈದ್ಯಕೀಯ ಸಲಹೆ ಕೊಡುವ ಆ್ಯಪ್ ಒಂದು ನಿಮ್ಮ ಫೋನಿನಲ್ಲಿರುವ ನಂಬರುಗಳ ಪಟ್ಟಿಯನ್ನೂ ಕೇಳಿತೆನ್ನಿ. ನೀವು ‘ಆಗಲಿ’ ಎಂದು ಒತ್ತಿದರೂ ಒಪ್ಪಿಗೆ ಚಿಕಿತ್ಸೆಗೆ ಬೇಕಾದ ಮಾಹಿತಿಗೆ ಮಾತ್ರ ಸಲ್ಲುತ್ತದೆ, ಆ ಪಟ್ಟಿಗಲ್ಲ.

ಅರ್ಜಿಯ ಮೇಲ್ಭಾಗದಲ್ಲಿ ಈ ರೀತಿ ಬರೆಯಬಹುದು: ‘ನಿಮ್ಮ ಹೆಸರು ಮತ್ತು ಫೋನ್ ನಂಬರನ್ನು ಈ ಗೋಷ್ಠಿಯ ಸಮಯ, ಸ್ಥಳ, ಪ್ರಮಾಣಪತ್ರದ ವಿಷಯ ತಿಳಿಸಲು ಮಾತ್ರ ಬಳಸುತ್ತೇವೆ. ಸಂಘದ ಇಬ್ಬರು ಕಾರ್ಯದರ್ಶಿಗಳ ಹೊರತು ಬೇರೆಯವರು ನೋಡುವುದಿಲ್ಲ. ೨೫ನೇ ತಾರೀಖಿನ ನಂತರ ಬಳಸುವುದಿಲ್ಲ. ಬೇಡವೆನಿಸಿದರೆ ನಮ್ಮ ನಂಬರಿಗೆ “ಬೇಡ” ಎಂದು ಸಂದೇಶ ಕಳುಹಿಸಿ.’ ಇದರ ಜೊತೆಗೆ, ತಕರಾರಿದ್ದರೆ ಯಾರಿಗೆ ದೂರು ಕೊಡಬೇಕೆಂಬುದನ್ನೂ ಒಂದು ಸಾಲಿನಲ್ಲಿ ತಿಳಿಸಬೇಕು. ಇಂಥ ಸೂಚನೆಯನ್ನು ಇಂಗ್ಲಿಷಿನಲ್ಲಾಗಲಿ ಸಂವಿಧಾನದ ಎಂಟನೇ ಅನುಸೂಚಿಯ ೨೨ ಭಾಷೆಗಳಲ್ಲಿ ಒಂದರಲ್ಲಾಗಲಿ ಓದುವ ಆಯ್ಕೆ ಜನರಿಗಿರಬೇಕು. ಕನ್ನಡವೂ ಆ ಅನುಸೂಚಿಯಲ್ಲಿದೆ. ಒಪ್ಪಿಗೆಯ ಗುರುತನ್ನು ನೀವೇ ಮೊದಲು ಹಾಕಿಟ್ಟು ‘ಬೇಡವಾದರೆ ತೆಗೆಯಿರಿ’ ಎನ್ನುವಂತಿಲ್ಲ, ಬಂದವರೇ ಅದನ್ನು ಹಾಕಬೇಕು. ಮುಂದಿನ ವರ್ಷದ ಗೋಷ್ಠಿಗೂ ಇದೇ ನಂಬರಿಗೆ ಕರೆ ಕಳುಹಿಸುವ ಆಸೆಯಿದ್ದರೆ ಅದಕ್ಕೆ ಪ್ರತ್ಯೇಕ ಚೌಕವಿರಬೇಕು. ಆ ಚೌಕವನ್ನು ಖಾಲಿ ಬಿಟ್ಟವರಿಗೂ ಗೋಷ್ಠಿಯ ಬಾಗಿಲು ತೆರೆದಿರಬೇಕು.

ಪಿಯುಸಿ ವಿದ್ಯಾರ್ಥಿಗಳೂ ಬರುವುದಾದರೆ ಇನ್ನೊಂದು ಎಚ್ಚರ ಬೇಕು. ಈ ಕಾಯಿದೆಯ ಪ್ರಕಾರ ೧೮ ವರ್ಷ ತುಂಬದವರೆಲ್ಲ ಮಕ್ಕಳು. ಅವರ ಪರವಾಗಿ ತಂದೆ-ತಾಯಿ ಅಥವಾ ಪೋಷಕರು ಒಪ್ಪಬೇಕು, ಆ ಒಪ್ಪಿಗೆ ಪರಿಶೀಲಿಸಿ ನೋಡುವಂಥದ್ದಾಗಿರಬೇಕು. ಇದಕ್ಕೆ ಸುಲಭದ ದಾರಿಯೊಂದಿದೆ: ಮಕ್ಕಳ ನಂಬರನ್ನು ಕೇಳಲೇಬೇಡಿ, ಅವರನ್ನು ಕರೆತರುವ ಉಪನ್ಯಾಸಕರ ನಂಬರೊಂದೇ ಸಾಕು.

ಪ್ರತಿಗಳು ಎಲ್ಲೆಲ್ಲಿ ಅಡಗಿವೆ?

‘ನಾವು ಅಳಿಸಿದೆವು’ ಎಂದು ಹೇಳುವುದು ಸುಲಭ. ಆದರೆ ನಮ್ಮ ಉದಾಹರಣೆಯ ಸಂಘದಲ್ಲಿ ಆ ೮೪ ನಂಬರುಗಳು ಎಷ್ಟು ಕಡೆ ಇವೆ ಎಂದು ಎಣಿಸಿ ನೋಡಿ. ಗೂಗಲ್ ಫಾರ್ಮ್‌ನಲ್ಲಿ ಬಂದ ಉತ್ತರಗಳು ಒಂದು ಕಡೆ. ಅದಕ್ಕೆ ಜೋಡಿಸಿದ ಶೀಟ್ ಇನ್ನೊಂದು ಕಡೆ. ಫಾರ್ಮ್‌ನ ಉತ್ತರಗಳನ್ನು ಅಳಿಸಿದರೂ ಶೀಟ್ ಹಾಗೆಯೇ ಇರುತ್ತದೆ. ಅದನ್ನು ಇಳಿಸಿಕೊಂಡ ಕಾರ್ಯದರ್ಶಿಯ ಲ್ಯಾಪ್‌ಟಾಪಿನಲ್ಲಿ ಮೂರನೆಯದು, ಪ್ರಾಂಶುಪಾಲರ ಕಚೇರಿಗೆ ಕಳುಹಿಸಿದ ಇ-ಮೇಲಿನಲ್ಲಿ ನಾಲ್ಕನೆಯದು, ಬಾಗಿಲಿಗೆಂದು ಅಚ್ಚು ಹಾಕಿದ ಹಾಳೆ ಐದನೆಯದು, ಸ್ವಯಂಸೇವಕರು ತಮ್ಮ ಫೋನಿನಲ್ಲಿ ಉಳಿಸಿಕೊಂಡ ನಂಬರುಗಳು ಆರನೆಯದು. ಶೀಟನ್ನು ಅಳಿಸಿದರೂ ಅದು ಗೂಗಲ್ ಡ್ರೈವ್‌ನ ಕಸದಬುಟ್ಟಿಯಲ್ಲಿ ೩೦ ದಿನ ಉಳಿದಿರುತ್ತದೆ. ಬುಟ್ಟಿಯನ್ನೂ ಖಾಲಿ ಮಾಡಬೇಕು.

ಹೀಗಾಗಿ ಪ್ರತಿಗಳು ಹುಟ್ಟದಂತೆ ನೋಡಿಕೊಳ್ಳುವುದೇ ಜಾಣತನ. ಶೀಟನ್ನು ಹಂಚಿಕೊಳ್ಳುವಾಗ Anyone with the link ಎಂಬ ಆಯ್ಕೆ ಇದ್ದರೆ ಕೊಂಡಿ ಸಿಕ್ಕ ಯಾರು ಬೇಕಾದರೂ ಅದನ್ನು ತೆರೆಯಬಹುದು. ಅದನ್ನು ತೆಗೆದು ಇಬ್ಬರು ಕಾರ್ಯದರ್ಶಿಗಳ ಹೆಸರನ್ನು ಮಾತ್ರ ಸೇರಿಸಿ. ಬಾಗಿಲಲ್ಲಿ ಇಡುವ ಹಾಳೆಯಲ್ಲಿ ಕ್ರಮಸಂಖ್ಯೆ, ಹೆಸರು, ಸಹಿ ಇಷ್ಟೇ ಇರಲಿ. ನಂಬರಿನ ಅಂಕಣವೇ ಬೇಡ. ನಾನು ಅಂದು ಇಷ್ಟು ಮಾಡಿದ್ದರೆ ಆ ತಾಯಿ ಅಲೆಯಬೇಕಾಗಿರಲಿಲ್ಲ. ಎಲ್ಲರನ್ನೂ ಒಂದು ವಾಟ್ಸ್ಆ್ಯಪ್ ಗುಂಪಿಗೆ ಸೇರಿಸಿದರೆ ಪ್ರತಿಯೊಬ್ಬರ ನಂಬರೂ ಉಳಿದ ೮೩ ಮಂದಿಗೆ ಕಾಣುತ್ತದೆ. ಅದರ ಬದಲು ಬ್ರಾಡ್‌ಕಾಸ್ಟ್ ಪಟ್ಟಿ ಮಾಡಿದರೆ ಸಂದೇಶ ಒಬ್ಬೊಬ್ಬರಿಗೇ ಪ್ರತ್ಯೇಕವಾಗಿ ಹೋಗುತ್ತದೆ. ಆದರೆ ನಿಮ್ಮ ನಂಬರನ್ನು ತಮ್ಮ ಫೋನಿನಲ್ಲಿ ಉಳಿಸಿಕೊಂಡವರಿಗೆ ಮಾತ್ರ ಅದು ತಲುಪುತ್ತದೆ. ಆ ಸೂಚನೆಯನ್ನು ಅರ್ಜಿಯಲ್ಲಿಯೇ ಕೊಟ್ಟುಬಿಡಿ.

ಇಲ್ಲಿ ಒಂದು ತೊಡಕಿದೆ. ಸರಕಾರ ಕಾನೂನುಬದ್ಧ ಕಾರಣಕ್ಕೆ ಕೇಳಿದರೆ ಒದಗಿಸಲು ಅನುಕೂಲವಾಗುವಂತೆ ದತ್ತಾಂಶವನ್ನೂ ಅದರ ಬಳಕೆಯ ದಾಖಲೆಗಳನ್ನೂ ಕನಿಷ್ಠ ಒಂದು ವರ್ಷ ಇಡಬೇಕೆಂದು ೨೦೨೫ರ ನಿಯಮಗಳು ಹೇಳುತ್ತವೆ. ಆ ನಿಯಮ ನಿಮ್ಮ ಸಂಸ್ಥೆಗೆ ಅನ್ವಯಿಸುವ ದಿನದಿಂದ ಕಾಲೇಜಿನ ಕಚೇರಿಯಲ್ಲಿ ಒಂದೇ ಒಂದು ಪ್ರತಿಯನ್ನು ಬೀಗ ಹಾಕಿ ಇಡಬೇಕಾಗುತ್ತದೆ. ಅದು ಇಡುವುದಕ್ಕೆ ಮಾತ್ರ, ಬಳಸುವುದಕ್ಕಲ್ಲ. ಲ್ಯಾಪ್‌ಟಾಪು, ಇ-ಮೇಲು, ಫೋನುಗಳಲ್ಲಿರುವ ಉಳಿದೆಲ್ಲ ಪ್ರತಿಗಳೂ ೨೫ನೇ ತಾರೀಖಿಗೇ ಹೋಗಬೇಕು. ವರ್ಷ ತುಂಬಿದ ಮೇಲೆ ಕಪಾಟಿನದೂ ಹೋಗಬೇಕು.

ಚಿತ್ರಗಳ ವಿಷಯ

ಫೋಟೋ ತೆಗೆಯಲು ನಂಬರಿನಿಂದ ಪ್ರತ್ಯೇಕವಾದ ಒಪ್ಪಿಗೆ ಬೇಕು, ಏಕೆಂದರೆ ಅದರ ಉದ್ದೇಶವೂ ಬೇರೆ. ಸ್ಟುಡಿಯೋದಲ್ಲಿ ನಾವು ಈಗ ಒಂದು ಉಪಾಯ ಮಾಡುತ್ತೇವೆ. ಮುಖ ಕಾಣುವುದು ಬೇಡ ಎನ್ನುವವರನ್ನು ಕ್ಯಾಮೆರಾ ತಿರುಗದ ಬದಿಯ ಎರಡು ಸಾಲುಗಳಲ್ಲಿ ಕೂರಿಸುತ್ತೇವೆ. ಯಾರೂ ಎದ್ದು ನಿಂತು ಕಾರಣ ಹೇಳಬೇಕಾಗಿಲ್ಲ. ಕಾಲೇಜಿನ ಸಭಾಂಗಣದಲ್ಲಿಯೂ ಇದನ್ನು ಮಾಡಬಹುದು.

ಗೋಷ್ಠಿಯಲ್ಲಿ ೪೦೦ ಚಿತ್ರ ತೆಗೆದರೆ ವಾರ್ಷಿಕ ಸಂಚಿಕೆಗೆ ಬೇಕಾಗುವುದು ಹತ್ತು ಹನ್ನೆರಡು. ಅವನ್ನು ಆರಿಸಿ ಉಳಿದವನ್ನು ಒಂದು ತಿಂಗಳೊಳಗೆ ತೆಗೆದುಹಾಕಿ. ಒಂದು ವರ್ಷದ ನಿಯಮ ಅನ್ವಯಿಸಿದಾಗ ಕಪಾಟಿನ ಪ್ರತಿಯ ಮಾತು ಇವಕ್ಕೂ ಸಲ್ಲುತ್ತದೆ. ಚಿತ್ರ ತೆಗೆದವರ ಫೋನಿನಿಂದ ಗೂಗಲ್ ಫೋಟೋಸ್‌ಗೆ ತಾನಾಗಿ ಏರಿದ ಚಿತ್ರ, ಅಳಿಸಿದ ಮೇಲೂ ೬೦ ದಿನ ಅಲ್ಲಿನ ಕಸದಬುಟ್ಟಿಯಲ್ಲಿರುತ್ತದೆ. ಫೋನಿನ ಕ್ಯಾಮೆರಾದಲ್ಲಿ ಸ್ಥಳ ದಾಖಲಿಸುವ ವ್ಯವಸ್ಥೆ ಚಾಲನೆಯಲ್ಲಿದ್ದರೆ ತೆಗೆದ ಜಾಗದ ಅಕ್ಷಾಂಶ ರೇಖಾಂಶಗಳು ಚಿತ್ರದ ಕಡತದೊಳಗೇ ಸೇರಿಕೊಳ್ಳುತ್ತವೆ ಎಂಬುದೂ ನೆನಪಿರಲಿ.

ಒಪ್ಪಿದವರು ಆಮೇಲೆ ‘ಬೇಡ’ ಎನ್ನಬಹುದೇ? ಖಂಡಿತ ಎನ್ನಬಹುದು. ಒಪ್ಪಿಗೆ ಕೊಟ್ಟಷ್ಟೇ ಸುಲಭವಾಗಿ ಹಿಂಪಡೆಯುವಂತಿರಬೇಕು ಎನ್ನುತ್ತದೆ ಕಾಯಿದೆ. ಆಗ ಸಂಘದ ಜಾಲತಾಣದಿಂದ ಆ ಚಿತ್ರವನ್ನು ತೆಗೆಯಬೇಕು. ಆದರೆ ಆಗಲೇ ಅಚ್ಚಾಗಿ ಹಂಚಿಹೋದ ಸಂಚಿಕೆಯನ್ನು ಮರಳಿ ತರಲಾಗದು. ಹಿಂಪಡೆಯುವ ಮೊದಲು ಒಪ್ಪಿಗೆಯಿಂದ ನಡೆದದ್ದು ತಪ್ಪಾಗುವುದೂ ಇಲ್ಲ. ಈ ಮಿತಿಯನ್ನು ಒಪ್ಪಿಗೆ ಕೇಳುವಾಗಲೇ ಹೇಳುವುದು ಪ್ರಾಮಾಣಿಕತೆ.

ಇಷ್ಟಾಗಿಯೂ ಪಟ್ಟಿ ಎಲ್ಲಾದರೂ ಸೋರಿಹೋದರೆ, ಅದರಲ್ಲಿ ಹೆಸರಿರುವ ಪ್ರತಿಯೊಬ್ಬರಿಗೂ ತಡಮಾಡದೆ ತಿಳಿಸಬೇಕು. ದತ್ತಾಂಶ ಸಂರಕ್ಷಣಾ ಮಂಡಳಿಗೂ ತಿಳಿಸಬೇಕೆಂದು ಕಾಯಿದೆ ವಿಧಿಸುತ್ತದೆ. ಯಾವ ಮಾಹಿತಿ ಹೋಯಿತು, ಅದರಿಂದ ಏನಾಗಬಹುದು, ಅವರು ಏನು ಮಾಡಿಕೊಳ್ಳಬೇಕು ಎಂಬುದನ್ನು ಸರಳ ಮಾತಿನಲ್ಲಿ ಹೇಳಿದರೆ ಅಪರಿಚಿತ ಕರೆ ಬಂದಾಗ ಅವರು ಎಚ್ಚರದಿಂದಿರುತ್ತಾರೆ. ಅಂದು ಆ ೫೯ ಮಂದಿಗೆ ನಾನು ಮಾಡದೆ ಉಳಿಸಿದ್ದು ಇದನ್ನೇ.

ಪ್ರಶ್ನೆ ಕೇಳಿದ ವಿದ್ಯಾರ್ಥಿನಿಗೆ ನನ್ನ ಉತ್ತರ ಇಷ್ಟು: ನಿಮ್ಮ ಗೋಷ್ಠಿಯ ಕೊನೆಯ ಪ್ರಮಾಣಪತ್ರ ಕೈಸೇರುವ ದಿನದವರೆಗೆ ಆ ನಂಬರು ನಿಮ್ಮ ಬಳಕೆಗೆ ಸಿಕ್ಕಿರುತ್ತದೆ. ಆ ದಿನಾಂಕವನ್ನು ಅರ್ಜಿಯಲ್ಲಿ ಅಚ್ಚು ಹಾಕಿಸಿ. ನಾಳೆ ನೀವೇ ಬೇರೊಂದು ಕಡೆ ನಂಬರು ಬರೆಯಬೇಕಾಗಿ ಬಂದಾಗ ಆ ದಿನಾಂಕ ಯಾವುದೆಂದು ಅವರನ್ನೂ ಕೇಳಿ.